ಕೃತಜ್ಞತೆಯ ಡೈರಿ: ಎಷ್ಟು ಬರೆಯಬೇಕು, ಯಾವಾಗ ನಿಲ್ಲಿಸಬೇಕು

ದಿನಾ ರಾತ್ರಿ ಮಲಗುವ ಮುಂಚೆ ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ ಬರೆಯಿರಿ, ಪ್ರತಿಯೊಂದರ ಮುಂದೆ ಅದು ಯಾಕೆ ಹಾಗೆ ನಡೆಯಿತು ಎಂದು ಒಂದು ಸಾಲು ಸೇರಿಸಿ, ಇದನ್ನು ಒಂದು ವಾರ ಮಾಡಿ. ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಕೊಟ್ಟ ಸೂಚನೆ ಇಷ್ಟೇ. ಅದೀಗ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬರುವಷ್ಟರಲ್ಲಿ ‘ದಿನಾ ಬೆಳಗ್ಗೆ ಹತ್ತು ಧನ್ಯವಾದ, 21 ದಿನದಲ್ಲಿ ಬದುಕೇ ಬದಲು’ ಎಂದಾಗಿದೆ. ಮೂರು ಹತ್ತಾಯಿತು, ‘ಯಾಕೆ’ ಎಂಬ ಸಾಲು ಬಿದ್ದುಹೋಯಿತು, ವಾರದ ಗಡಿಯೂ ಹೋಯಿತು. ಈ ಮೂರೂ ಬದಲಾವಣೆ ಅಭ್ಯಾಸವನ್ನು ಕೆಡಿಸುತ್ತವೆ.

ಮೊದಲು ಅದರ ನಿಜವಾದ ಬಲ ಎಷ್ಟು ಎಂದು ನೋಡೋಣ. ಸೆಲಿಗ್ಮನ್ ಅವರ ಪ್ರಯೋಗದಲ್ಲಿ ಮೂರು ಸಂಗತಿ ಬರೆದವರ ಖುಷಿಯ ಅಂಕ ಆರು ತಿಂಗಳ ನಂತರವೂ ಮೇಲೆಯೇ ಇತ್ತು. ಹೇಳಿದ ವಾರ ಮುಗಿದ ಮೇಲೂ ತಾವಾಗಿಯೇ ಮುಂದುವರಿಸಿದವರಿಗೆ ಹೆಚ್ಚು ಲಾಭವಾಗಿತ್ತು. ಆದರೆ 2012ರಲ್ಲಿ ಕೆನಡಾದ ಮೈರಿಯಮ್ ಮಾಂಗ್ರೇನ್ ಮತ್ತು ಸಹ ಸಂಶೋಧಕರು ಇದನ್ನು ಮತ್ತೆ ಮಾಡಿದಾಗ ಹೋಲಿಕೆಗೆ ಇನ್ನೊಂದು ಗುಂಪನ್ನು ಇಟ್ಟುಕೊಂಡರು. ಆ ಗುಂಪಿನವರು ಬಾಲ್ಯದ ಸಿಹಿ ನೆನಪುಗಳನ್ನು ಬರೆಯಬೇಕಿತ್ತು. ಖುಷಿ ಏರಿದ್ದು ನಿಜ, ಆದರೆ ನೆನಪು ಬರೆದವರನ್ನು ಮೀರಿಸುವಷ್ಟೇನೂ ಅಲ್ಲ. ಅಂದರೆ ಫಲದ ಒಂದು ಪಾಲು ಒಳ್ಳೆಯದರ ಕಡೆ ಸ್ವಲ್ಪ ಹೊತ್ತು ಗಮನ ಕೊಟ್ಟು ಕೂತದ್ದರಿಂದಲೇ ಬರುತ್ತದೆ, ಅದಕ್ಕೆ ಕೃತಜ್ಞತೆಯೇ ಆಗಬೇಕೆಂದಿಲ್ಲ.

ಖಿನ್ನತೆ ಮತ್ತು ಆತಂಕದ ಮಟ್ಟಿಗೆ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. 2021ರಲ್ಲಿ ಕ್ರೆಗ್ ಮತ್ತು ಚೀವೆನ್ಸ್ 27 ಅಧ್ಯಯನಗಳ, ಮೂರೂವರೆ ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶವನ್ನು ಒಟ್ಟುಗೂಡಿಸಿದರು. ಸಿಕ್ಕ ಪರಿಣಾಮದ ಗಾತ್ರ ಸುಮಾರು 0.29. ಇದನ್ನು ಹೀಗೆ ಅರ್ಥಮಾಡಿಕೊಳ್ಳಬಹುದು: ಅಭ್ಯಾಸ ಮಾಡಿದವರಲ್ಲಿ ಒಬ್ಬರನ್ನು, ಮಾಡದವರಲ್ಲಿ ಒಬ್ಬರನ್ನು ಕಣ್ಣುಮುಚ್ಚಿ ಆರಿಸಿದರೆ, ಮಾಡಿದವರ ಮನಸ್ಸು ಹಗುರವಾಗಿರುವ ಸಾಧ್ಯತೆ ನೂರಕ್ಕೆ 58. ಅಭ್ಯಾಸದಿಂದ ಏನೂ ಪರಿಣಾಮವಿಲ್ಲದಿದ್ದರೆ ಅದು 50 ಇರುತ್ತಿತ್ತು. ಖಿನ್ನತೆ ಇರುವವರು ಇದಕ್ಕಿಂತ ಗಟ್ಟಿ ಪುರಾವೆ ಇರುವ ಚಿಕಿತ್ಸೆ ಪಡೆಯಲಿ ಎಂದು ಆ ಸಂಶೋಧಕರೇ ಬರೆದಿದ್ದಾರೆ. ಆರೋಗ್ಯವಾಗಿರುವವರಿಗೆ ಖರ್ಚಿಲ್ಲದ, ಐದು ನಿಮಿಷದ ಅಭ್ಯಾಸವಾಗಿ ಇದು ಒಳ್ಳೆಯದೇ. ಔಷಧದ ಜಾಗದಲ್ಲಿ ಇಡುವಂಥದ್ದಲ್ಲ.

ಹತ್ತು ಬರೆದರೆ ಯಾಕೆ ಕೆಡುತ್ತದೆ? ಇದಕ್ಕೆ ಉತ್ತರ ಬೇರೊಂದು ವಿಷಯದ ಹಳೆಯ ಪ್ರಯೋಗದಲ್ಲಿದೆ. ನಾರ್ಬರ್ಟ್ ಶ್ವಾರ್ಜ್ 1991ರಲ್ಲಿ ಜನರಿಗೆ ತಾವು ದಿಟ್ಟವಾಗಿ ನಡೆದುಕೊಂಡ ಸಂದರ್ಭಗಳನ್ನು ಬರೆಯಲು ಹೇಳಿದರು. ಕೆಲವರು ಆರು ಬರೆಯಬೇಕಿತ್ತು, ಕೆಲವರು ಹನ್ನೆರಡು. ಹನ್ನೆರಡು ಬರೆದವರು ಕೊನೆಗೆ ತಮ್ಮನ್ನು ತಾವು ಹೆಚ್ಚು ಅಳುಕಿನವರೆಂದು ಅಂದುಕೊಂಡರು. ಆರೋ ಏಳೋ ಆದ ಮೇಲೆ ನೆನಪು ಸುಲಭವಾಗಿ ಬರುವುದಿಲ್ಲ. ಆಗ ಮನಸ್ಸು ‘ಇಷ್ಟು ತಿಣುಕಬೇಕಾದರೆ ನನ್ನಲ್ಲಿ ಅದು ಕಡಿಮೆಯೇ ಇರಬೇಕು’ ಎಂಬ ತೀರ್ಮಾನಕ್ಕೆ ಬರುತ್ತದೆ. ಹತ್ತನೆಯ ಧನ್ಯವಾದಕ್ಕಾಗಿ ಪೆನ್ನು ಕಚ್ಚುತ್ತಾ ಕೂತವರಿಗೂ ಆಗುವುದು ಇದೇ. ಇನ್ನು ದಿನಾ ಬರೆಯುವುದಕ್ಕಿಂತ ಬಿಟ್ಟು ಬಿಟ್ಟು ಬರೆಯುವುದು ವಾಸಿ ಎನ್ನಲು ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ಆರು ವಾರಗಳ ಅಧ್ಯಯನವಿದೆ. ವಾರಕ್ಕೊಮ್ಮೆ ಬರೆದವರಿಗೆ ಲಾಭವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಸೆಲಿಗ್ಮನ್ ಹೇಳಿದ ದಿನದ ಅಭ್ಯಾಸ ಒಂದೇ ವಾರದ್ದು ಎಂಬುದನ್ನು ಮರೆಯಬಾರದು. ತಿಂಗಳುಗಟ್ಟಲೆ ಮಾಡುವುದಾದರೆ ವಾರಕ್ಕೊಂದು ಸಲ ಸಾಕು.

ಇದಕ್ಕಿಂತ ನಾವು ಹೆಚ್ಚು ಗಮನಿಸಬೇಕಾದ ತೊಡಕು ಬೇರೆ ಇದೆ. 2017ರಲ್ಲಿ ಟಿಟೋವಾ, ವ್ಯಾಗ್‌ಸ್ಟಾಫ್ ಮತ್ತು ಪಾರ್ಕ್ಸ್ ಎಂಬ ಸಂಶೋಧಕರು ಬಿಳಿಯ ಅಮೆರಿಕನ್ನರನ್ನೂ ಭಾರತೀಯರನ್ನೂ ಹೋಲಿಸಿ ನೋಡಿದರು. ಕೃತಜ್ಞತೆಯ ಪತ್ರ ಬರೆದ ಭಾರತೀಯರಲ್ಲಿ ಒಳ್ಳೆಯ ಭಾವನೆಗಳ ಜೊತೆಗೆ ದುಃಖ ಮತ್ತು ತಪ್ಪಿತಸ್ಥ ಭಾವವೂ ಏರಿತ್ತು. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದು ಆಶ್ಚರ್ಯ ತರಲಾರದು. ಉಪಕಾರ ನೆನೆದ ಕೂಡಲೇ ತೀರಿಸದೆ ಉಳಿದದ್ದೂ ನೆನಪಾಗುತ್ತದೆ. ಫಿಲಿಪ್ ವಾಟ್ಕಿನ್ಸ್ 2006ರಲ್ಲಿ ಇದನ್ನೇ ಅಳೆದು ತೋರಿಸಿದ್ದರು: ಕೊಟ್ಟವರು ಪ್ರತಿಯಾಗಿ ಏನೋ ನಿರೀಕ್ಷಿಸುತ್ತಿದ್ದಾರೆ ಎಂದು ಗೊತ್ತಾದಷ್ಟೂ ಪಡೆದವರಲ್ಲಿ ಋಣಭಾರ ಹೆಚ್ಚುತ್ತದೆ, ಕೃತಜ್ಞತೆ ಇಳಿಯುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಎರಡರಲ್ಲೂ ಬಾಯಿ ‘ನಿಮ್ಮಿಂದ ಉಪಕಾರವಾಯ್ತು’ ಎಂದೇ ಹೇಳುತ್ತದೆ. ಒಳಗೆ ಮಾತ್ರ ವ್ಯತ್ಯಾಸವಿದೆ. ಕೃತಜ್ಞತೆ ಹುಟ್ಟಿದಾಗ ಆ ವ್ಯಕ್ತಿಯ ಹತ್ತಿರ ಹೋಗಬೇಕೆನಿಸುತ್ತದೆ, ಹಂಗಿಗೆ ಬಿದ್ದಾಗ ಅವರ ಕಣ್ಣು ತಪ್ಪಿಸಬೇಕೆನಿಸುತ್ತದೆ. ಡೈರಿಯ ಒಂದೊಂದು ಸಾಲನ್ನೂ ಪರೀಕ್ಷಿಸಲು ಇದಕ್ಕಿಂತ ಸರಳವಾದ ಒರೆಗಲ್ಲು ಇಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಒಬ್ಬರ ಕಥೆಯಲ್ಲ, ಹಲವು ಮನೆಗಳಲ್ಲಿ ಕಾಣುವುದನ್ನು ಸೇರಿಸಿ ಕಟ್ಟಿದ್ದು. ದಾವಣಗೆರೆಯ ಕಡೆಯ ಒಬ್ಬ ಶಾಲಾ ಶಿಕ್ಷಕಿ. ಅತ್ತೆಗೆ ಲಕ್ವ ಹೊಡೆದು ಎಂಟು ತಿಂಗಳು. ಆಸ್ಪತ್ರೆಯ ಖರ್ಚಿನ ದೊಡ್ಡ ಪಾಲನ್ನು ಬೆಂಗಳೂರಿನ ಭಾವ ಕೊಟ್ಟಿದ್ದಾರೆ, ಮೈ ಒರೆಸುವುದು, ಊಟ ಮಾಡಿಸುವುದು, ರಾತ್ರಿ ಎರಡು ಸಲ ಏಳುವುದು ಇವರ ಪಾಲಿಗೆ. ‘ನನ್ನ ಕೈಲಾಗ್ತಿಲ್ಲ’ ಎಂದಾಗಲೆಲ್ಲ ಓರಗಿತ್ತಿ ಫೋನಿನಲ್ಲಿ, ‘ಎಷ್ಟೋ ಜನಕ್ಕೆ ಇಷ್ಟೂ ಇರಲ್ಲ ಕಣೇ, ಇರೋದನ್ನ ನೆನೆಸ್ಕೋ’ ಎನ್ನುತ್ತಾರೆ. ಅವರೇ ಕಳಿಸಿದ ವಿಡಿಯೊ ನೋಡಿ ಇವರು ರಾತ್ರಿ ಹತ್ತು ಸಾಲು ಬರೆಯಲು ಶುರುಮಾಡುತ್ತಾರೆ. ‘ಭಾವ ದುಡ್ಡು ಕೊಟ್ಟರು’, ‘ಮನೆ ಇದೆ’, ‘ಕೆಲಸ ಇದೆ’, ‘ಮಕ್ಕಳು ಆರೋಗ್ಯವಾಗಿದ್ದಾರೆ’. ಮೂರನೆಯ ದಿನದಿಂದ ಇವೇ ಸಾಲುಗಳು ಮರಳಿ ಬರುತ್ತವೆ. ಎರಡನೆಯ ವಾರದ ಹೊತ್ತಿಗೆ ಬರೆದು ಮುಗಿಸಿದ ಮೇಲೆ ನಿದ್ದೆ ಬರುವುದು ಇನ್ನೂ ತಡವಾಗುತ್ತದೆ. ‘ಇಷ್ಟೆಲ್ಲ ಇದ್ದೂ ನನಗೆ ಸಮಾಧಾನವಿಲ್ಲವಲ್ಲ, ನಾನೇ ಸರಿ ಇಲ್ಲ’ ಎಂಬ ಹೊಸ ಮಾತು ಅವರ ತಲೆ ಸೇರುತ್ತದೆ. ದಣಿವು ಮೊದಲೇ ಇತ್ತು, ಈಗ ದಣಿದದ್ದಕ್ಕೆ ನಾಚಿಕೆಯೂ ಸೇರಿಕೊಂಡಿತು.

ಇಲ್ಲಿ ಎಡವಟ್ಟಾದದ್ದು ಎಲ್ಲಿ? ಅವರ ಸಾಲುಗಳೆಲ್ಲ ‘ಇದೆ’ ಎಂಬ ಆಸ್ತಿಪಟ್ಟಿ. ಘಟನೆಗಳಲ್ಲ, ಹಾಗಾಗಿ ಅವು ನಾಳೆಯೂ ಬದಲಾಗುವುದಿಲ್ಲ, ಮನಸ್ಸನ್ನು ಮುಟ್ಟುವುದೂ ಇಲ್ಲ. ಭಾವನವರ ಸಾಲು ಒರೆಗಲ್ಲಿನಲ್ಲಿ ಸೋಲುತ್ತದೆ. ಅವರ ಫೋನ್ ಬಂದರೆ ಇವರ ಎದೆ ಹೊಡೆದುಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಅಭ್ಯಾಸ ಒಂದು ದೂರಿಗೆ ಉತ್ತರವಾಗಿ ಬಂದಿದೆ. ‘ಕೈಲಾಗ್ತಿಲ್ಲ’ ಎಂಬುದು ಸಹಾಯ ಕೇಳುವ ಮಾತು. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಧಾಟಿಯಲ್ಲಿ ಅದನ್ನು ಮುಚ್ಚಿಸಿದರೆ ಸಹಾಯವೂ ಬರುವುದಿಲ್ಲ, ಕೇಳುವ ಬಾಯಿಯೂ ಕಟ್ಟುತ್ತದೆ.

ಇದನ್ನು ಸರಿಪಡಿಸುವ ಕ್ರಮ ಹೀಗೆ. ದಿನದ ಬರವಣಿಗೆ ನಿಲ್ಲಿಸಿ, ವಾರಕ್ಕೊಂದು ಸಮಯ ಗೊತ್ತುಮಾಡಿಕೊಳ್ಳುವುದು, ಭಾನುವಾರ ಸಂಜೆ ಹದಿನೈದು ನಿಮಿಷ ಎಂದಿಟ್ಟುಕೊಳ್ಳಿ. ಎಡಪುಟದಲ್ಲಿ ಮೊದಲು ಆ ವಾರ ಭಾರವಾದ ಒಂದು ಸಂಗತಿ ಮತ್ತು ಅದಕ್ಕೆ ಯಾರಿಂದ ಏನು ಬೇಕು ಎಂಬುದು. ಈ ಶಿಕ್ಷಕಿ ಬರೆದರೆ ಹೀಗಿರಬಹುದು: ‘ರಾತ್ರಿ ನಿದ್ದೆಗೆಟ್ಟು ಮರುದಿನ ತರಗತಿಯಲ್ಲಿ ತೂಕಡಿಸಿದೆ. ವಾರಕ್ಕೆ ಎರಡು ರಾತ್ರಿ ನಮ್ಮ ಯಜಮಾನರು ಏಳಬೇಕು, ಆಳಿನ ಖರ್ಚಿನ ಬಗ್ಗೆ ಭಾವನ ಹತ್ತಿರ ಅವರೇ ಮಾತಾಡಬೇಕು.’ ಬಲಪುಟದಲ್ಲಿ ಒಂದರಿಂದ ಮೂರು ಘಟನೆ, ದಿನ, ಜಾಗ, ಯಾಕೆ ಎಂಬುದರ ಸಮೇತ: ‘ಬುಧವಾರ ಪಕ್ಕದ ಮನೆಯವರು ನಾನು ಕೇಳದೆಯೇ ಅರ್ಧ ಗಂಟೆ ಅತ್ತೆಯ ಹತ್ತಿರ ಕೂತರು. ನಾನು ಓಡಾಡೋದನ್ನ ಅವರು ಕಿಟಕಿಯಿಂದ ನೋಡಿದ್ದರಂತೆ.’ ಯಾರೋ ನಮ್ಮನ್ನು ಗಮನಿಸಿದ್ದರು ಎಂಬುದು ಈ ‘ಯಾಕೆ’ ಬರೆಯುವಾಗಲೇ ಅರಿವಿಗೆ ಬರುವುದು, ಅಭ್ಯಾಸದ ಜೀವ ಇರುವುದೂ ಅಲ್ಲೇ. ಭಾವನವರ ಹೆಸರು ಸದ್ಯಕ್ಕೆ ಬಲಪುಟಕ್ಕೆ ಬೇಡ. ಏನೂ ಇಲ್ಲದ ವಾರ ಪುಟ ಖಾಲಿ ಬಿಡಬೇಕು, ತುಂಬಿಸಲು ಹೋಗಬಾರದು.

ಸಾಲುಗಳು ಸಪ್ಪೆಯಾದಾಗ ಇನ್ನೊಂದು ದಾರಿ ಇದೆ. ಮಿಂಕ್ಯುಂಗ್ ಕೂ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದಂತೆ, ಒಂದು ಒಳ್ಳೆಯ ಘಟನೆ ನಡೆಯದೇ ಹೋಗಬಹುದಿದ್ದ ಬಗೆಯನ್ನು ಬರೆದವರ ಮನಸ್ಸು, ಅದು ನಡೆದ ಬಗೆಯನ್ನು ಬರೆದವರಿಗಿಂತ ಹೆಚ್ಚು ಅರಳಿತು. ‘ಅವತ್ತು ಆ ಬಸ್ ತಪ್ಪಿದ್ದರೆ ಈ ಗೆಳತಿ ಸಿಗುತ್ತಲೇ ಇರಲಿಲ್ಲ’ ಎಂಬಂಥ ಒಂದು ಪ್ಯಾರಾ ಸಾಕು. ಆತಂಕದ ಸ್ವಭಾವದವರು ಮಾತ್ರ ಇದನ್ನು ಮಕ್ಕಳ, ಮನೆಯವರ ಜೀವದ ವಿಷಯದಲ್ಲಿ ಮಾಡಬಾರದು, ಅದು ನೇರ ಭಯದ ಕಡೆಗೆ ತಿರುಗಿಬಿಡುತ್ತದೆ.

ಆರು ವಾರ ಮಾಡಿ ನೋಡಿ. ಬರೆದ ಮೇಲೆ ಮೈ ಹಗುರವಾಗುತ್ತಿದೆಯೇ, ಬಿಗಿಯಾಗುತ್ತಿದೆಯೇ ಎಂದು ಪ್ರತಿ ಸಲ ಒಂದು ಪದದಲ್ಲಿ ಗುರುತು ಹಾಕಿಕೊಳ್ಳಿ. ಸತತ ಎರಡು ಸಲ ‘ಬಿಗಿ’ ಬಂದರೆ, ಅಥವಾ ಬೇರೆಯವರ ಕಷ್ಟದೊಡನೆ ಹೋಲಿಸಿಕೊಳ್ಳುವ ಸಾಲುಗಳು ಹೆಚ್ಚಾದರೆ ನಿಲ್ಲಿಸಿ. ಎರಡು ವಾರ ದಿನದ ಹೆಚ್ಚು ಹೊತ್ತು ಮನಸ್ಸು ಮಂಕಾಗಿದ್ದು, ನಿದ್ದೆ, ಹಸಿವು, ಕೆಲಸದ ಆಸಕ್ತಿ ಕುಗ್ಗಿದ್ದರೆ ಡೈರಿಯನ್ನು ಬದಿಗಿಟ್ಟು ವೈದ್ಯರನ್ನೋ ಮನಃಶಾಸ್ತ್ರಜ್ಞರನ್ನೋ ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅಂದೇ ಕರೆ ಮಾಡಬೇಕು. ಹಿಂಸೆ ಕೊಡುವವರ ಜೊತೆ ಬದುಕುತ್ತಿರುವವರಿಗೆ ಅವರ ಒಳ್ಳೆಯತನ ಹುಡುಕಿ ಬರೆಯಿರಿ ಎಂದು ಯಾರೂ ಹೇಳಬಾರದು. ಅನ್ಯಾಯ ಮಾಡಿದ ಮೇಲಿನವರಿಗೆ ಧನ್ಯವಾದ ಹೇಳಿದವರಲ್ಲಿ ಆ ಅನ್ಯಾಯದ ವಿರುದ್ಧ ಪ್ರತಿಭಟಿಸುವ ಮನಸ್ಸು ಕಡಿಮೆಯಾಗುತ್ತದೆ ಎಂದು ಕ್ಸೆನೊಫೊಂಟೊವ್ ಮತ್ತು ಬೆಕರ್ ಅವರ 2020ರ ಅಧ್ಯಯನಗಳು ತೋರಿಸಿವೆ. ಸಂಬಳ ತಡವಾದ ಕಚೇರಿಯಲ್ಲಿ ‘ಕೃತಜ್ಞತಾ ವಾರ’ ನಡೆಸುವವರೂ ಇದನ್ನು ಓದಿಕೊಳ್ಳಬೇಕು.

ಮಕ್ಕಳ ವಿಷಯದಲ್ಲಿ, ಉಡುಗೊರೆ ಕೊಟ್ಟವರ ಎದುರಿಗೇ ‘ಥ್ಯಾಂಕ್ಸ್ ಹೇಳು’ ಎಂದು ಗದರುವುದು ಶಿಷ್ಟಾಚಾರ ಕಲಿಸುತ್ತದೆ, ಅಷ್ಟೇ. ಭಾವ ಬೆಳೆಯಬೇಕಿದ್ದರೆ ಅವರು ಹೋದ ಮೇಲೆ ಕೇಳಿ: ‘ನಿಂಗೆ ಬಣ್ಣದ ಪೆನ್ಸಿಲ್ ಇಷ್ಟ ಅಂತ ಅತ್ತೆಗೆ ಹೇಗೆ ಗೊತ್ತಾಯ್ತು? ಅದನ್ನ ತರೋಕೆ ಅವರು ಎಲ್ಲಿಗೆ ಹೋಗಿರಬೇಕು?’ ಮಗು ‘ಗೊತ್ತಿಲ್ಲ’ ಎಂದು ಆಟಕ್ಕೆ ಓಡಿದರೆ ಹೋಗಲಿ ಬಿಡಿ, ಮುಂದಿನ ಸಲ ಮತ್ತೆ ಕೇಳಿದರಾಯಿತು.