ಬೀಗರಂತೆ ಬಂದು ಹೋಗುವ ರೊಕ್ಕ: ಸಾವಿರ ರೂಪಾಯಿ ಊರೊಳಗೆ ಎಷ್ಟು ಸುತ್ತು ಹೊಡೆಯುತ್ತದೆ?

ಜೇವರ್ಗಿ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಸೋದರಮಾವನ ಕಿರಾಣಿ ಅಂಗಡಿ ಇದೆ. ಗಲ್ಲಾಪೆಟ್ಟಿಗೆ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಬಿಟ್ಟ ಉದ್ರಿ ಪುಸ್ತಕವೇ ಆ ಅಂಗಡಿಯ ಜೀವ. ಉದ್ಯೋಗ ಖಾತ್ರಿ ಕೂಲಿ ಜನರ ಖಾತೆಗೆ ಜಮಾ ಆದ ದಿನ ಆ ಪುಸ್ತಕದಲ್ಲಿ ಗೀಟುಗಳು ಬೀಳುತ್ತವೆ: ಇವರದು ಮುನ್ನೂರು ಬಂತು, ಅವರದು ಐನೂರು ಚುಕ್ತಾ. ಮರುದಿನ ಬೆಳಿಗ್ಗೆ ಮಾವ ಖಾಲಿ ಎಣ್ಣೆ ಡಬ್ಬಿ ಹಿಡಿದು ಟಂಟಂ ಹತ್ತುತ್ತಾನೆ. ಕಲಬುರಗಿಯ ನೆಹರೂ ಗಂಜ್‌ನಲ್ಲಿ ಹೋಲ್‌ಸೇಲ್ ಸೇಠನ ಬಾಕಿ ತೀರಿಸಿ, ಹೊಸ ಮಾಲು ಹೇರಿಕೊಂಡು ಸಂಜೆಗೆ ಊರು ಸೇರುತ್ತಾನೆ.

‘ರೊಕ್ಕ ನಮ್ಮೂರಿಗಿ ಬೀಗರಂಗ ಬರ್ತದ ತಮ್ಮಾ, ಒಂದ್ ರಾತ್ರಿ ಇದ್ದು ಹೋಗ್ತದ’ ಎಂದು ಒಮ್ಮೆ ನಕ್ಕಿದ್ದ. ಅರ್ಥಶಾಸ್ತ್ರದಲ್ಲಿ ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದಿರುವ ಒಂದು ವಾದದ ಮುಖ್ಯ ಎಳೆಯೇ ಅವನ ಆ ಮಾತಿನಲ್ಲಿತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಆ ವಾದ ಶುರುವಾದದ್ದು ಇಂಗ್ಲೆಂಡಿನಲ್ಲಿ. 1929ರ ಚುನಾವಣೆ ಹೊತ್ತಿಗೆ ಅಲ್ಲಿ ನಿರುದ್ಯೋಗ ವಿಪರೀತವಾಗಿತ್ತು. ಸರ್ಕಾರ ಸಾಲ ಮಾಡಿಯಾದರೂ ರಸ್ತೆ, ಮನೆ ಕಟ್ಟಿಸಿ ಕೆಲಸ ಕೊಡುತ್ತದೆ ಎಂದು ಲಿಬರಲ್ ಪಕ್ಷದ ನಾಯಕ ಲಾಯ್ಡ್ ಜಾರ್ಜ್ ಭರವಸೆ ಕೊಟ್ಟರು. ಖಜಾನೆಯ ಅಧಿಕಾರಿಗಳು ಒಪ್ಪಲಿಲ್ಲ. ಸರ್ಕಾರ ಸಾಲ ಎತ್ತಿದರೆ ಖಾಸಗಿಯವರಿಗೆ ಸಿಗಬೇಕಾದ ಸಾಲ ಅಷ್ಟೇ ಕಡಿಮೆಯಾಗುತ್ತದೆ, ಒಟ್ಟು ಕೆಲಸ ಹೆಚ್ಚುವುದಿಲ್ಲ ಎಂಬುದು ಅವರ ತಕರಾರು. ಅರ್ಥಶಾಸ್ತ್ರಜ್ಞರಾದ ಜಾನ್ ಮೇನಾರ್ಡ್ ಕೇನ್ಸ್ ಮತ್ತು ಹ್ಯೂಬರ್ಟ್ ಹೆಂಡರ್ಸನ್ ಲಾಯ್ಡ್ ಜಾರ್ಜ್ ಪರ ಒಂದು ಕಿರುಹೊತ್ತಗೆ ಬರೆದರು. ರಸ್ತೆ ಹಾಕುವವನ ಕೂಲಿ ಅಂಗಡಿಗೆ ಹೋಗುತ್ತದೆ, ಅಂಗಡಿಯವನ ಗಳಿಕೆ ಇನ್ನೆಲ್ಲಿಗೋ ಹೋಗುತ್ತದೆ, ಹೀಗೆ ಒಂದು ಕೆಲಸದ ಬೆನ್ನಿಗೆ ಇನ್ನಷ್ಟು ಕೆಲಸ ಹುಟ್ಟುತ್ತವೆ ಎಂದರು. ಎಷ್ಟು ಹುಟ್ಟುತ್ತವೆ ಎಂದು ಮಾತ್ರ ಲೆಕ್ಕ ಹಾಕಿ ತೋರಿಸಲು ಆಗಲಿಲ್ಲ.

ಅಲ್ಲಿ ಒಂದು ತೊಡಕಿತ್ತು. ಒಬ್ಬರ ಖರ್ಚು ಇನ್ನೊಬ್ಬರ ಗಳಿಕೆ ಎಂಬುದು ನಿಜವೇ ಆದರೆ ಒಂದೇ ರೂಪಾಯಿ ಕೊನೆಯಿಲ್ಲದೆ ಸುತ್ತಬೇಕಲ್ಲ? ಒಂದು ರಸ್ತೆ ಹಾಕಿಸಿದರೆ ಇಡೀ ದೇಶದ ನಿರುದ್ಯೋಗ ನೀಗಬೇಕಿತ್ತು. ಹಾಗೆ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಏಕೆ ಆಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿದವರು ಕೇಂಬ್ರಿಡ್ಜಿನಲ್ಲಿ ಕೇನ್ಸರ ಶಿಷ್ಯರಾಗಿದ್ದ ರಿಚರ್ಡ್ ಕಾನ್. 1931ರಲ್ಲಿ ಪ್ರಕಟವಾದ ಅವರ ಲೇಖನದ ತಿರುಳು ಸರಳ. ರೊಕ್ಕ ಕೈ ಬದಲಿಸುವಾಗಲೆಲ್ಲ ಒಂದು ಪಾಲು ಸುತ್ತಿನಿಂದ ಆಚೆ ಬೀಳುತ್ತದೆ. ಸ್ವಲ್ಪ ಉಳಿತಾಯವಾಗುತ್ತದೆ, ಸ್ವಲ್ಪ ವಿದೇಶಿ ಮಾಲಿಗೆ ಹೋಗುತ್ತದೆ. ಹೀಗಾಗಿ ಪ್ರತಿ ಸುತ್ತೂ ಹಿಂದಿನದಕ್ಕಿಂತ ಚಿಕ್ಕದು, ಮತ್ತು ಎಲ್ಲ ಸುತ್ತುಗಳನ್ನು ಕೂಡಿಸಿದರೆ ಒಂದು ನಿಶ್ಚಿತ ಮೊತ್ತ ಸಿಗುತ್ತದೆ. ಕೇನ್ಸ್ 1936ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇದನ್ನೇ ನಡುಗಂಬವಾಗಿ ನಿಲ್ಲಿಸಿದರು. ನಮ್ಮ ಪಿಯುಸಿ ಪಠ್ಯದಲ್ಲಿ ಅದು ‘ಗುಣಕ’ ಎಂಬ ಹೆಸರಿನಲ್ಲಿ ಬರುತ್ತದೆ.

ಪಠ್ಯದ ಲೆಕ್ಕ ಹೀಗೆ: ಕೈಗೆ ಬಂದ ನೂರರಲ್ಲಿ ಎಲ್ಲರೂ ಎಂಬತ್ತು ಖರ್ಚು ಮಾಡುತ್ತಾರೆ ಎಂದುಕೊಳ್ಳಿ. ಮೊದಲ ಸುತ್ತಿನಲ್ಲಿ 100, ಆಮೇಲೆ 80, ಆಮೇಲೆ 64, ಹೀಗೆ ಇಳಿಯುತ್ತಾ ಕೂಡಿದರೆ 500. ಅಂದರೆ ಗುಣಕ ಐದು. ಪರೀಕ್ಷೆಗೆ ಇಷ್ಟು ಬರೆದರೆ ಪೂರ್ತಿ ಅಂಕ. ಆದರೆ ಮಾವನ ಅಂಗಡಿಯಲ್ಲಿ ಕೂತು ನೋಡಿದರೆ ಈ ಐದು ನಂಬುವ ಮಾತಲ್ಲ.

ಅಲ್ಲೇ ಕೂತು ಒಂದು ಲೆಕ್ಕ ಹಾಕೋಣ. ಅಂಕಿಗಳು ನಾನು ಅಂದಾಜಿಗೆ ಇಟ್ಟುಕೊಂಡವು, ಆದರೆ ಹಳ್ಳಿ ಕಂಡವರಿಗೆ ಅಪರಿಚಿತವೇನಲ್ಲ. 2025-26ರಲ್ಲಿ ಕರ್ನಾಟಕದ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮೂರು ದಿನ ದುಡಿದರೆ ಸಾವಿರ ದಾಟುತ್ತದೆ. ಒಂದು ಮನೆಗೆ ಆ ಸಾವಿರ ಬಂತು ಎನ್ನೋಣ. ಸಂಘದ ಸಾಲದ ಕಂತಿಗೆ 200 ಹೋಯಿತು. ಕಿರಾಣಿಗೆ 500: ಎಣ್ಣೆ, ಸಕ್ಕರೆ, ಚಹಾಪುಡಿ, ಸಾಬೂನು. ಮೊಬೈಲ್ ರೀಚಾರ್ಜ್‌ಗೆ 100. ಊರಲ್ಲೇ ಎಮ್ಮೆ ಕಟ್ಟಿದವರಿಂದ ಹಾಲು, ತೋಟದವರಿಂದ ಕಾಯಿಪಲ್ಯ, ಎರಡೂ ಸೇರಿ 120. ಜೋಳ ಬೀಸಿದ ಗಿರಣಿಗೆ ಮತ್ತು ಹುಡುಗನ ಅಂಗಿ ಹೊಲಿದ ದರ್ಜಿಗೆ 80.

ಈಗ ಇದರಲ್ಲಿ ಊರಿನವರ *ಗಳಿಕೆ* ಆದದ್ದು ಎಷ್ಟು? ಕಿರಾಣಿಯ ಐನೂರರಲ್ಲಿ ಮಾವನಿಗೆ ಉಳಿಯುವುದು ಐವತ್ತು. ಉಳಿದ ನಾನೂರೈವತ್ತು ಗಂಜ್ ದಾರಿ ಹಿಡಿಯುತ್ತದೆ. ರೀಚಾರ್ಜ್‌ನಲ್ಲಿ ಮೂರು ರೂಪಾಯಿ ಕಮಿಷನ್. ಹಾಲು, ಪಲ್ಯದ್ದು ಹೆಚ್ಚುಕಡಿಮೆ ಪೂರ್ತಿ 120. ಗಿರಣಿಯವನ ಕರೆಂಟ್ ಬಿಲ್, ದರ್ಜಿಯ ದಾರ, ಗುಂಡಿ ಕಳೆದರೆ 60. ಒಟ್ಟು 233, ಅಂದರೆ ಸಾವಿರಕ್ಕೆ ಸುಮಾರು 230. ಇದನ್ನು ಪಡೆದವರೂ ಇದೇ ರೀತಿ ಖರ್ಚು ಮಾಡಿದರೆ ಮುಂದಿನ ಸುತ್ತಿಗೆ ಉಳಿಯುವುದು 53, ಆಮೇಲೆ 12, ಆಮೇಲೆ 3. ಎಲ್ಲ ಕೂಡಿದರೆ 1,300ರ ಹತ್ತಿರ. ಊರಿನ ಮಟ್ಟಿಗೆ ಗುಣಕ ಐದಲ್ಲ, 1.3.

ತಪ್ಪು ಮಾಡುವುದು ಸಾಮಾನ್ಯವಾಗಿ ಇಲ್ಲೇ. ಮಾವನ ಗಲ್ಲಾಪೆಟ್ಟಿಗೆಗೆ ಐನೂರು ಬಿತ್ತು ಎಂದು ಐನೂರನ್ನೂ ಊರಿನ ಗಳಿಕೆಗೆ ಸೇರಿಸಿಬಿಡುತ್ತೇವೆ. ಯೋಜನೆಯೊಂದರ ಫಲವನ್ನು ಹೊಗಳುವ ವರದಿಗಳಲ್ಲಿ ಗುಣಕ ಬೆಳೆದು ಕಾಣಿಸಿದರೆ ಮೊದಲು ನೋಡಬೇಕಾದದ್ದು ಇದನ್ನೇ: ಅವರು ಎಣಿಸಿದ್ದು ವ್ಯಾಪಾರವನ್ನೋ, ಗಳಿಕೆಯನ್ನೋ?

ಎರಡನೆಯ ಪ್ರಶ್ನೆ, ಗೆರೆ ಎಲ್ಲಿ ಎಳೆಯುತ್ತೀರಿ ಎಂಬುದು. ಊರಿನ ಸುತ್ತ ಎಳೆದರೆ ಗಂಜ್‌ಗೆ ಹೋದದ್ದೆಲ್ಲ ಸೋರಿಕೆ. ಜಿಲ್ಲೆಯ ಸುತ್ತ ಎಳೆದರೆ ಸೇಠನ ಲಾಭ, ಅವನ ಗುಮಾಸ್ತನ ಪಗಾರ, ಚೀಲ ಇಳಿಸಿದ ಹಮಾಲನ ಕೂಲಿ ಎಲ್ಲ ಒಳಗೇ ಬರುತ್ತವೆ. ಮನೆಯವರು ಕೊಂಡದ್ದು ತೊಗರಿಬೇಳೆ ಆಗಿದ್ದರೆ ಇನ್ನೂ ಹೆಚ್ಚು. ಇಲ್ಲೇ ಬೆಳೆದ ತೊಗರಿ ಕಲಬುರಗಿಯ ದಾಲ್‌ಮಿಲ್‌ನಲ್ಲೇ ಬೇಳೆಯಾದರೆ ಕ್ವಿಂಟಲ್‌ಗೆ 70-75 ಕಿಲೋ ಬೇಳೆ, ಉಳಿದ ಚುನ್ನಿ, ಹೊಟ್ಟು ದನದ ಮೇವಿಗೆ. ಒಡೆಯುವ, ಸೋಸುವ, ಚೀಲ ಹೊಲಿಯುವ ಕೂಲಿ ನಮ್ಮವರಿಗೆ. ಅದೇ ತೊಗರಿ ಕಾಳಾಗಿಯೇ ಲಾರಿ ಹತ್ತಿ ಬೇರೆ ರಾಜ್ಯಕ್ಕೆ ಹೋದರೆ ರೈತನ ಕೈಗೆ ಸಿಗುವ ದರ ಒಂದೇ ಇರಬಹುದು, ನಂತರದ ಸುತ್ತುಗಳು ಮಾತ್ರ ಬೇರೆಯವರ ಊರಿನಲ್ಲಿ ನಡೆಯುತ್ತವೆ. ಸೇಡಂ, ವಾಡಿಯ ಸಿಮೆಂಟಿನದು ಇದರ ಇನ್ನೊಂದು ರೂಪ. ಕಲ್ಲು ನಮ್ಮ ನೆಲದ್ದು, ಕೂಲಿಯೂ ಇಲ್ಲೇ ಉಳಿಯುತ್ತದೆ, ಲಾಭ ಮಾತ್ರ ಕಂಪನಿಯ ಮುಖ್ಯ ಕಚೇರಿ ಇರುವ ಊರಿಗೆ.

ಸೋರಿಕೆಯ ಮಾತು ಇಷ್ಟು. ಇದಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ಎತ್ತಿದವರು ಕೇನ್ಸರ ಬಳಿಯೇ ಓದಿ ಬಂದ ವಿ.ಕೆ.ಆರ್.ವಿ. ರಾವ್. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಾಮಾಜಿಕ, ಆರ್ಥಿಕ ಸಂಶೋಧನಾ ಸಂಸ್ಥೆ ಆರಂಭಿಸಿದವರು. ನಡುವೆ 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೂ ಆರಿಸಿ ಬಂದರು. 1952ರ ಲೇಖನವೊಂದರಲ್ಲಿ ಅವರು ಗುರುವಿನ ಸೂತ್ರ ಭಾರತದಂಥ ದೇಶಕ್ಕೆ ಹೊಂದುವುದಿಲ್ಲ ಎಂದರು. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳು ಬಾಗಿಲು ಹಾಕಿಕೊಂಡು ಕೂತಿದ್ದವು, ಬೇಡಿಕೆ ಬಂದರೆ ಯಂತ್ರ ಓಡಿಸಿದರಾಯಿತು. ಇಲ್ಲಿ ಬಡವನ ಕೈಗೆ ರೊಕ್ಕ ಬಂದರೆ ಅವನು ಮೊದಲು ಕೇಳುವುದು ಧಾನ್ಯ. ಬೇಡಿಕೆ ಹೆಚ್ಚಿತೆಂದು ಜೋಳ ನಡುವರ್ಷದಲ್ಲಿ ತೆನೆ ಬಿಡುವುದಿಲ್ಲ. ಮೇಲಾಗಿ ರೈತನ ಕೈ ಸ್ವಲ್ಪ ಸಡಿಲವಾದರೆ ಅವನ ಮನೆಯವರೂ ಹೊಟ್ಟೆತುಂಬ ಉಣ್ಣುತ್ತಾರೆ, ಪೇಟೆಗೆ ತರುವ ಕಾಳು ಕಡಿಮೆಯಾಗುತ್ತದೆ. ಆಗ ಪಟ್ಟು ಪಟ್ಟಾಗಿ ಹೆಚ್ಚುವುದು ಬೆಲೆ, ಉತ್ಪಾದನೆಯಲ್ಲ.

ಆ ಕಾಲಕ್ಕೆ ಇದು ಸರಿಯಾದ ಮಾತೇ ಎಂದು ನನ್ನ ಅಭಿಪ್ರಾಯ. ಆದರೆ 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತ್ರಿ ಶುರುವಾಗಿ, ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ಬೀದರ್ ಮತ್ತು ಆಗಿನ ಗುಲ್ಬರ್ಗಾ ಸೇರಿದಾಗ ಪರಿಸ್ಥಿತಿ ಬೇರೆಯಾಗಿತ್ತು. ಪಡಿತರ ಇತ್ತು, ಸರ್ಕಾರದ ಗೋದಾಮುಗಳಲ್ಲಿ ದಾಸ್ತಾನಿತ್ತು. ಇನ್ನೊಂದು ಅಂಶವೂ ಇದೆ. ಹಳ್ಳಿಯಲ್ಲಿ ಸುಮ್ಮನೆ ಕೂತ ಯಂತ್ರಗಳು ಇಲ್ಲವೆಂದಲ್ಲ. ಮಧ್ಯಾಹ್ನ ಎರಡು ಗಂಟೆಗೆ ಮಾವನ ಅಂಗಡಿಗೆ ಹೋಗಿ ನೋಡಿ: ಅವನು ಚೀಲಕ್ಕೆ ಒರಗಿ ತೂಕಡಿಸುತ್ತಿರುತ್ತಾನೆ. ಗಿರಣಿ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಓಡುತ್ತದೆ. ದರ್ಜಿಯ ಮಷಿನ್ ಮೇಲೆ ಬಟ್ಟೆ ಹೊದಿಸಿರುತ್ತದೆ. ಗಿರಾಕಿ ಹೆಚ್ಚಿದರೆ ಇವರಾರೂ ದರ ಏರಿಸಬೇಕಿಲ್ಲ, ಕೈಯಲ್ಲಿರುವ ಬಿಡುವು ಬಳಸಿದರೆ ಸಾಕು.

ಇದನ್ನು ಅಳೆದು ನೋಡಿದ ಒಂದು ಪ್ರಯೋಗ ಕೀನ್ಯಾದಲ್ಲಿ ನಡೆಯಿತು. 653 ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ವಿಂಗಡಿಸಿ, 10,500ಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ನೇರವಾಗಿ ಹಣ ಕೊಟ್ಟು, ಹಣ ಸಿಗದವರ ಗಳಿಕೆಯನ್ನೂ ಲೆಕ್ಕ ಹಾಕಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅಲ್ಲಿನ ಗುಣಕ ಸುಮಾರು 2.5, ಬೆಲೆ ಏರಿದ್ದು ತೀರಾ ಕಡಿಮೆ. ನಾನು ಹಾಕಿದ 1.3ರ ಜೊತೆ ಇದನ್ನು ನೇರ ಹೋಲಿಸುವಂತಿಲ್ಲ, ಏಕೆಂದರೆ ಅವರು ಎಳೆದ ಗೆರೆ ಒಂದು ಹಳ್ಳಿಗಿಂತ ದೊಡ್ಡದು. ಆದರೆ ರಾವ್ ಅವರ ಆತಂಕಕ್ಕೆ ಎಲ್ಲ ಕಡೆಯೂ ಒಂದೇ ಉತ್ತರವಿಲ್ಲ ಎಂಬುದಂತೂ ತಿಳಿಯಿತು. ಬಿಡುವಾಗಿ ಕೂತದ್ದು ಹೊಲವಲ್ಲದಿದ್ದರೂ ಅಂಗಡಿ ಇರಬಹುದು.

ಉದ್ರಿ ಪುಸ್ತಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಕೂಲಿ ಹದಿನೈದು ದಿನದೊಳಗೆ ಕೊಡಬೇಕೆಂದು ಕಾನೂನು ಹೇಳಿದರೂ ತಡವಾಗುವುದುಂಟು. ಜನ ಮಾತ್ರ ಎಣ್ಣೆಗೆ, ಸಕ್ಕರೆಗೆ ಅಲ್ಲಿಯವರೆಗೆ ಕಾಯುವುದಿಲ್ಲ. ‘ಬರಾದದ’ ಎಂಬ ಭರವಸೆ ಮೇಲೆ ಮಾವ ಬರೆದುಕೊಂಡು ಮಾಲು ಕೊಡುತ್ತಾನೆ, ಸೇಠ ಮಾವನ ಹೆಸರಿಗೆ ಬರೆದುಕೊಳ್ಳುತ್ತಾನೆ. ಎಂದರೆ ಸರ್ಕಾರದ ರೊಕ್ಕ ಖಾತೆಗೆ ಬೀಳುವ ಮೊದಲೇ ಅದರ ಒಂದೆರಡು ಸುತ್ತು ಮುಗಿದಿರುತ್ತದೆ. ಪಾವತಿ ಎರಡು ತಿಂಗಳು ನಿಂತರೆ ಮೊದಲು ಕಟ್ಟುವುದು ಮಾವನ ಉಸಿರು, ಏಕೆಂದರೆ ಸೇಠನ ಸೈರಣೆ ಹಳ್ಳಿಯವರದಕ್ಕಿಂತ ಚಿಕ್ಕದು.

ಸುತ್ತು ಹಿಂದಕ್ಕೂ ತಿರುಗುತ್ತದೆ. 2022ರಲ್ಲಿ ತೊಗರಿಗೆ ನೆಟೆ ರೋಗ ಬಿತ್ತು. ಹೂ, ಕಾಯಿ ಹಿಡಿದ ಗಿಡಗಳು ನಿಂತಲ್ಲೇ ಒಣಗಿದವು. ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ರಾಶಿ ಮುಗಿದು, ರೈತರ ಕೈಗೆ ರೊಕ್ಕ ಬಂದು, ಮದುವೆ, ಬಟ್ಟೆ, ಹೋಳಿ ಕಳೆದ ಮೇಲಿನ ಶರಣಬಸವೇಶ್ವರ ಜಾತ್ರೆಯ ತನಕ ಪೇಟೆಗೆ ಕಳೆ ಇರುತ್ತದೆ. ಆ ವರ್ಷ ರಾಶಿಯೇ ತೆಳುವಾಗಿತ್ತು. ರೈತ ಕೂಲಿಯಾಳುಗಳನ್ನು ಕಡಿಮೆ ಮಾಡಿದ, ಆಳು ಹೊಸ ಅಂಗಿ ಹೊಲಿಸಲಿಲ್ಲ, ದರ್ಜಿ ಸಕ್ಕರೆಯನ್ನು ಪಾವು ಕಿಲೋಗೆ ಇಳಿಸಿದ. ಮೂವರಲ್ಲಿ ತೊಗರಿ ಬೆಳೆದವನು ಒಬ್ಬನೇ.

ಉದ್ರಿ ಪುಸ್ತಕದಲ್ಲಿ ಆ ದರ್ಜಿಯ ಹೆಸರಿಗೆ ಅಲ್ಲಿಯತನಕ ಒಂದೇ ಪುಟ ಇತ್ತು. ಯುಗಾದಿ ಹೊತ್ತಿಗೆ ಮಾವ ಎರಡನೆಯದನ್ನು ತೆರೆದ.