ಎರಡು ಬಟ್ಟಲು ಒಂದು ಮಾತು, ಎಂಟು ಬಟ್ಟಲು ಇನ್ನೊಂದು ಮಾತು

ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಹಾಸನದಿಂದ ಒಬ್ಬ ಹೆಣ್ಣುಮಗಳು ಟ್ಯಾರೋ ಎಲೆ ಹಾಕಿ ಓದುವ ನನಗೆ ಉದ್ದದ ಪತ್ರ ಬರೆದರು. ಅವರಿಗೆ ಸರ್ಕಾರಿ ಕೆಲಸ. ಹುಡುಗ ಮೂಡಿಗೆರೆ ಕಡೆಯವರು, ಅಣ್ಣನ ಜೊತೆ ತೋಟ ನೋಡಿಕೊಳ್ಳುತ್ತಾರೆ. ನಾಲ್ಕು ವರ್ಷದ ಪರಿಚಯ. ಮೊದಲು ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದವರು ಈಗ ತಿಂಗಳಿಗೊಮ್ಮೆಯೂ ಬರುತ್ತಿಲ್ಲ. ಮನೆ ವಿಷಯ ಎತ್ತಿದರೆ ‘ಭಾಗ ಆಗಲಿ, ಆಮೇಲೆ ನೋಡೋಣ’ ಅನ್ನುತ್ತಾರೆ. ಪತ್ರದ ಕೊನೆಯಲ್ಲಿ ಒಂದೇ ಸಾಲು: ‘ಅವ್ರು ನನ್ನ ಮದುವೆ ಆಗ್ತಾರಾ ಇಲ್ವಾ, ಅಷ್ಟು ಹೇಳಿ ಮೇಡಂ. ನಾನು ಚಿಕ್ಕಮಗಳೂರಿಗೆ ವರ್ಗಾವಣೆ ಅರ್ಜಿ ಹಾಕಬೇಕೋ ಬೇಡವೋ ತೀರ್ಮಾನ ಮಾಡಬೇಕು.’

ಇದನ್ನು ಬರೆಯಲು ಆಕೆಯ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ನಮ್ಮ ಕಡೆ ದೇವರ ಮುಂದೆ ಹೂ ಕೇಳುವ ಪದ್ಧತಿ ಇದೆಯಲ್ವಾ? ಬಲಗಡೆ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. ಟ್ಯಾರೋ ಕೇಳಲು ಬರುವವರೂ ಅದೇ ಲೆಕ್ಕದಲ್ಲಿ ಬರುತ್ತಾರೆ. ಆದರೆ ಇಲ್ಲಿ ಇರುವುದು 78 ಚಿತ್ರದ ಎಲೆ. ಹೌದು, ಇಲ್ಲ ಎಂದು ಹೇಳುವ ಎಲೆ ಅದರಲ್ಲಿ ಒಂದೂ ಇಲ್ಲ. ಅದಕ್ಕೇ ಮೊದಲು ಪ್ರಶ್ನೆಯನ್ನೇ ತಿದ್ದಿಸಿದೆ. ‘ನಮ್ಮಿಬ್ಬರ ನಡುವೆ ಈಗ ಏನು ನಡೆಯುತ್ತಿದೆ, ಅರ್ಜಿ ಹಾಕುವ ಮುಂಚೆ ನಾನು ಏನು ತಿಳಿದುಕೊಳ್ಳಬೇಕು?’ ಎಂದು ಬರೆದು ಕಳಿಸಿದರು. ಇದಕ್ಕೆ ಎಲೆ ಹಾಕಬಹುದು.

ಇಬ್ಬರ ಸಂಬಂಧಕ್ಕೆ ನಾನು ಏಳು ಎಲೆ ಹಾಕುತ್ತೇನೆ. ಎಡಗಡೆ ಸಾಲಿನಲ್ಲಿ ಕೇಳುವವರದು ಎರಡು: ಹೊರಗೆ ಕಾಣುವುದು, ಒಳಗೆ ಇರುವುದು. ಬಲಗಡೆ ಇನ್ನೊಬ್ಬರದು ಅದೇ ರೀತಿ ಎರಡು. ನಡುವೆ ಮೂರು: ಇಬ್ಬರನ್ನೂ ಹಿಡಿದಿಟ್ಟಿರುವುದು, ಹೊರಗಿನ ಒತ್ತಡ, ಈಗಿನ ದಾರಿ ಹೀಗೇ ಹೋದರೆ ಎತ್ತ ಹೋಗುತ್ತದೆ ಎಂಬುದು. ತಲೆಕೆಳಗಾದ ಎಲೆಗೆ ಬೇರೆ ಅರ್ಥ ಕೊಡುವುದೋ ಬೇಡವೋ ಎಂದು ಕಲಸುವ ಮುಂಚೆಯೇ ನಿರ್ಧರಿಸಿರಬೇಕು. ಎಲೆ ನೋಡಿದ ಮೇಲೆ ನಿರ್ಧರಿಸಿದರೆ ನಮಗೆ ಬೇಕಾದ ಅರ್ಥ ತಾನಾಗಿ ಬಂದುಬಿಡುತ್ತದೆ. ಈ ಸಲ ಎಲ್ಲವನ್ನೂ ನೆಟ್ಟಗೇ ಓದುವುದು ಎಂದುಕೊಂಡೆ.

ಕಟ್ಟಿನಲ್ಲಿ 22 ದೊಡ್ಡ ಎಲೆ ಬಿಟ್ಟರೆ ಉಳಿದವು ಇಸ್ಪೀಟಿನ ಹಾಗೆ ನಾಲ್ಕು ಗುಂಪು: ಸ್ವೋರ್ಡ್ಸ್ ಅಂದರೆ ಕತ್ತಿ, ಕಪ್ಸ್ ಅಂದರೆ ಬಟ್ಟಲು, ಪೆಂಟಕಲ್ಸ್ ಅಂದರೆ ನಾಣ್ಯ, ವಾಂಡ್ಸ್ ಅಂದರೆ ಕೋಲು. ಬಂದದ್ದು ಹೀಗೆ. ಆಕೆಯ ಹೊರಗೆ ಕ್ವೀನ್ ಆಫ್ ಸ್ವೋರ್ಡ್ಸ್, ಒಳಗೆ ಟು ಆಫ್ ಸ್ವೋರ್ಡ್ಸ್. ಆತನ ಹೊರಗೆ ನೈಟ್ ಆಫ್ ಪೆಂಟಕಲ್ಸ್, ಒಳಗೆ ಸೆವೆನ್ ಆಫ್ ಸ್ವೋರ್ಡ್ಸ್. ನಡುವೆ ಹಿಡಿದಿಟ್ಟಿರುವುದು ಟು ಆಫ್ ಕಪ್ಸ್, ಹೊರಗಿನ ಒತ್ತಡ ಟೆನ್ ಆಫ್ ಪೆಂಟಕಲ್ಸ್, ಮುಂದಿನ ದಾರಿ ಏಯ್ಟ್ ಆಫ್ ಕಪ್ಸ್.

ಆಕೆಯ ಸಾಲಿನಲ್ಲಿ ಹೆಚ್ಚು ಗೊಂದಲ ಇರಲಿಲ್ಲ. ಹೊರಗೆ ಕತ್ತಿ ನೆಟ್ಟಗೆ ಹಿಡಿದು ಕೂತ ರಾಣಿ, ಒಳಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎದೆಯ ಮೇಲೆ ಎರಡು ಕತ್ತಿ ಅಡ್ಡ ಹಿಡಿದ ಹೆಂಗಸು. ‘ನೇರವಾಗಿ ಹೇಳಿ’ ಎಂದು ನನಗೆ ಬರೆದವರು, ಹುಡುಗನನ್ನು ನೇರವಾಗಿ ಕೇಳಿಲ್ಲ. ಇದು ಪತ್ರದಲ್ಲೇ ಇತ್ತು.

ತೊಡಕು ಬಂದದ್ದು ಆತನ ಸಾಲಿನಲ್ಲಿ. ಟ್ಯಾರೋದ ನಾಲ್ಕು ಸವಾರರಲ್ಲಿ ಪೆಂಟಕಲ್ಸ್ ಸವಾರನ ಕುದುರೆ ಮಾತ್ರ ನಾಲ್ಕು ಕಾಲೂ ಊರಿ ನಿಂತಿರುತ್ತದೆ. ಹಿಂದೆ ಉತ್ತ ಹೊಲ. ಹೂಮಳೆಗೆ ಕಾಯುವ ತೋಟದವರ ಹಾಗೆ, ನಿಧಾನ, ಆದರೆ ಬಿಟ್ಟು ಹೋಗುವವನಲ್ಲ. ಅದರ ಕೆಳಗೇ ಸೆವೆನ್ ಆಫ್ ಸ್ವೋರ್ಡ್ಸ್. ಡೇರೆಗಳ ಕಡೆಯಿಂದ ಒಬ್ಬ ಐದು ಕತ್ತಿ ಹೊತ್ತು ತುದಿಗಾಲಲ್ಲಿ ಜಾರುತ್ತಿದ್ದಾನೆ, ತಿರುಗಿ ನೋಡುತ್ತಿದ್ದಾನೆ. ಇನ್ನೆರಡು ಕತ್ತಿ ಹಿಂದೆ ನೆಲದಲ್ಲಿ ನೆಟ್ಟಿವೆ. ಈ ಎಲೆ ಬಂದ ತಕ್ಷಣ ‘ಮೋಸ, ಇನ್ನೊಬ್ಬಳು ಇದ್ದಾಳೆ’ ಎಂದು ಹೇಳಿಬಿಡುವವರು ನಮ್ಮಲ್ಲಿ ಜಾಸ್ತಿ. ಹೇಳುವುದು ಸುಲಭ. ಚಿತ್ರದಲ್ಲಿ ಇನ್ನೊಬ್ಬಳು ಎಲ್ಲಿದ್ದಾಳೆ? ಕಾಣುವುದು ಇಷ್ಟೇ: ಒಬ್ಬ ಮನುಷ್ಯ ಯಾರಿಗೂ ಹೇಳದೆ ಏನನ್ನೋ ಮಾಡುತ್ತಿದ್ದಾನೆ, ಎದುರಿಸಬೇಕಾದವರನ್ನು ತಪ್ಪಿಸಿಕೊಂಡು ಹೋಗುತ್ತಿದ್ದಾನೆ. ಯಾರನ್ನು ತಪ್ಪಿಸುತ್ತಿದ್ದಾನೆ? ಆಕೆಯನ್ನೋ, ಮನೆಯವರನ್ನೋ? ಎಲೆ ಹೇಳುವುದಿಲ್ಲ.

ಇನ್ನೂ ಒಂದು ಮಿತಿ ಇದೆ. ಆತ ನನ್ನ ಮುಂದೆ ಕೂತಿಲ್ಲ, ಒಪ್ಪಿಗೆಯನ್ನೂ ಕೊಟ್ಟಿಲ್ಲ. ಬಲಗಡೆ ಸಾಲು ಆತನ ಮನಸ್ಸಿನ ಕನ್ನಡಿ ಎಂದು ನಾನು ನಂಬುವುದಿಲ್ಲ. ಆಕೆ ಕೂತ ಜಾಗದಿಂದ ಆತ ಹೇಗೆ ಕಾಣುತ್ತಾನೆ ಎಂದಷ್ಟೇ ಅದನ್ನು ಓದುತ್ತೇನೆ. ಆಕೆಯ ಅನುಮಾನವೂ ಆ ಚಿತ್ರಕ್ಕೆ ಬಣ್ಣ ಹಚ್ಚಿರಬಹುದು.

ಇನ್ನು ನಡುವಿನ ಸಾಲು. ಟು ಆಫ್ ಕಪ್ಸ್‌ನಲ್ಲಿ ಗಂಡು ಹೆಣ್ಣು ಎದುರುಬದುರು ನಿಂತು ಬಟ್ಟಲು ಹಿಡಿದಿದ್ದಾರೆ. ಇಬ್ಬರ ನಡುವೆ, ದೂರದಲ್ಲಿ ಒಂದು ಪುಟ್ಟ ಮನೆ. ಇದನ್ನು ಮದುವೆಯ ಎಲೆ ಎನ್ನುವವರಿದ್ದಾರೆ. ನನಗೆ ಕಾಣುವುದು ಒಬ್ಬರಿಗೊಬ್ಬರ ಒಲವು ಮಾತ್ರ, ಮನೆ ಇನ್ನೂ ದೂರವೇ ಇದೆ. ಏಯ್ಟ್ ಆಫ್ ಕಪ್ಸ್‌ನಲ್ಲಿ ಕೆಂಪು ಬಟ್ಟೆ ಹೊದ್ದ ಒಬ್ಬರು ಕೋಲು ಹಿಡಿದು, ನಮಗೆ ಬೆನ್ನು ಹಾಕಿ ಬೆಟ್ಟದ ಕಡೆ ನಡೆಯುತ್ತಿದ್ದಾರೆ. ಎಂಟು ಬಟ್ಟಲು ಹಿಂದೆಯೇ ಉಳಿದಿವೆ. ಒಂದೂ ಉರುಳಿಲ್ಲ, ಚೆಲ್ಲಿಲ್ಲ. ಮೇಲಿನ ಸಾಲಿನಲ್ಲಿ ಮಾತ್ರ ಒಂದು ಬಟ್ಟಲಿನ ಜಾಗ ಖಾಲಿ.

ಒಂದು ಎಲೆ ‘ಇಬ್ಬರಿಗೂ ಮನಸ್ಸಿದೆ’ ಎನ್ನುತ್ತದೆ. ಇನ್ನೊಂದು ‘ಯಾರೋ ಎದ್ದು ಹೋಗುತ್ತಾರೆ’ ಎನ್ನುತ್ತದೆ. ಏನು ಮಾಡುವುದು?

ಮೊದಮೊದಲು ನಾನು ಇಂಥ ಕಡೆ ಇನ್ನೊಂದು ಎಲೆ ಎಳೆಯುತ್ತಿದ್ದೆ. ಅದೂ ಸರಿ ಹೋಗದಿದ್ದರೆ ಮತ್ತೊಂದು. ಕಟ್ಟಿನಲ್ಲಿ ಇನ್ನೂ 71 ಎಲೆ ಇರುತ್ತವೆ. ಎಳೆಯುತ್ತಾ ಹೋದರೆ ಮುಂದಿರುವವರ ಮುಖ ಅರಳಿಸುವ ಎಲೆ ಒಂದಲ್ಲ ಒಂದು ಬಂದೇ ಬರುತ್ತದೆ. ಅದರಿಂದ ಏನೂ ಬಗೆಹರಿಯುವುದಿಲ್ಲ, ಕೇಳುವವರಿಗೆ ಬೇಕಾದ್ದು ಸಿಗುತ್ತದೆ ಅಷ್ಟೆ. ಈಗ ಎಳೆಯುವುದಿಲ್ಲ. ಬದಲು, ಎರಡು ಎಲೆಗಳೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿವೆಯಾ ಎಂದು ನೋಡುತ್ತೇನೆ. ಇಲ್ಲಿ ಕೊಡುತ್ತಿರಲಿಲ್ಲ. ಟು ಆಫ್ ಕಪ್ಸ್ ಇದ್ದದ್ದು ‘ಹಿಡಿದಿಟ್ಟಿರುವುದು’ ಎಂಬ ಜಾಗದಲ್ಲಿ, ಏಯ್ಟ್ ಆಫ್ ಕಪ್ಸ್ ಇದ್ದದ್ದು ‘ಹೀಗೇ ಹೋದರೆ’ ಎಂಬ ಜಾಗದಲ್ಲಿ. ಒಲವು ಇದ್ದೂ ಕಾದು ಸಾಕಾಗಿ ಎದ್ದು ಹೋಗುವವರನ್ನು ನಾವೆಲ್ಲ ನೋಡಿಲ್ವಾ? ಹಾಗಾಗಿ ಈ ಜಗಳ ಅರ್ಧ ಕರಗಿತು.

ಆತನ ಸಾಲಿನ ಜಗಳ ಕರಗಲಿಲ್ಲ. ನಂಬಬಹುದಾದ ನಿಧಾನಸ್ಥನೋ, ನುಣುಚಿಕೊಳ್ಳುವವನೋ? ಟೆನ್ ಆಫ್ ಪೆಂಟಕಲ್ಸ್‌ನ ಮನೆತನ, ಆಸ್ತಿ, ನಾಯಿಗಳ ಜೊತೆ ಕೂತ ಹಿರಿಯ, ಇವನ್ನೆಲ್ಲ ನೋಡಿದರೆ ಆತ ತಪ್ಪಿಸುತ್ತಿರುವುದು ಮನೆಯವರನ್ನು ಅನಿಸುತ್ತದೆ. ಆದರೆ ‘ಭಾಗ’ದ ಸುದ್ದಿ ನನಗೆ ಪತ್ರದಿಂದ ಮೊದಲೇ ಗೊತ್ತಿತ್ತು. ಗೊತ್ತಿದ್ದ ಕತೆಗೆ ಎಲೆಯನ್ನು ಹೊಂದಿಸುತ್ತಿದ್ದೇನಾ ಎಂಬ ಅನುಮಾನ ಹೋಗಲಿಲ್ಲ.

ಇನ್ನೆರಡು ವಿಷಯ ಕಣ್ಣಿಗೆ ಬಿದ್ದವು. ಏಳರಲ್ಲಿ ಒಂದೂ ವಾಂಡ್ಸ್ ಇಲ್ಲ, 22 ದೊಡ್ಡ ಎಲೆಗಳಲ್ಲಿ ಒಂದೂ ಬಂದಿಲ್ಲ. ವಾಂಡ್ಸ್ ಇಲ್ಲದಿದ್ದರೆ ಹೆಜ್ಜೆ ಇಡುವವರಿಲ್ಲ, ದೊಡ್ಡ ಎಲೆ ಇಲ್ಲದಿದ್ದರೆ ವಿಧಿಯ ಮಾತಿಲ್ಲ, ಎಲ್ಲ ಮನುಷ್ಯರ ಕೈಲೇ ಇದೆ ಎಂದು ಓದುವುದು ವಾಡಿಕೆ. ಓದಲು ಚೆಂದವೇ. ಆದರೆ ಲೆಕ್ಕ ಹಾಕಿ ನೋಡಿ: ಸುಮ್ನೆ ಕಲಸಿ ಏಳು ಎಲೆ ತೆಗೆದರೂ 100 ರಲ್ಲಿ ಸುಮಾರು 24 ಸಲ ವಾಂಡ್ಸ್ ಬರುವುದಿಲ್ಲ. ಸುಮಾರು 9 ಸಲ ದೊಡ್ಡ ಎಲೆ ಒಂದೂ ಇರುವುದಿಲ್ಲ. ಮೊದಲನೆಯದರ ಮೇಲೆ ಭಾರ ಹಾಕಲಿಲ್ಲ. ಎರಡನೆಯದನ್ನು ಒಂದು ಸಾಲಿನಲ್ಲಿ ಬರೆದು ಬಿಟ್ಟೆ.

ಎದುರು ಕೂತವರಿಗೆ ಹೇಳುವಾಗ ಮುಖ ನೋಡಿ ಮಾತು ತಿದ್ದಬಹುದು. ಬರೆದು ಕಳಿಸಿದ್ದನ್ನು ರಾತ್ರಿ ಹನ್ನೊಂದಕ್ಕೆ ಒಬ್ಬರೇ ಓದುತ್ತಾರೆ. ಬೇಕಾದ ಒಂದು ಸಾಲಿನ ಸ್ಕ್ರೀನ್‌ಶಾಟ್ ತೆಗೆದು ಆ ಹುಡುಗನಿಗೇ ಕಳಿಸುತ್ತಾರೆ. ಇದು ನನಗೆ ಒಂದು ಸಲ ಆಗಿದೆ, ಆ ಕಡೆಯವರಿಂದ ಬೈಗುಳವನ್ನೂ ತಿಂದಿದ್ದೇನೆ. ಅದಕ್ಕೇ ಗಟ್ಟಿ ಮಾತು ಬರೆದ ವಾಕ್ಯದಲ್ಲೇ ಅದರ ಅನುಮಾನವನ್ನೂ ಸೇರಿಸುತ್ತೇನೆ. ಕೊನೆಯಲ್ಲಿ ‘ಇದೆಲ್ಲ ಸಾಧ್ಯತೆ ಮಾತ್ರ’ ಎಂದು ಒಂದು ಸಾಲು ಹಾಕಿದರೆ ಅದನ್ನು ಯಾರೂ ಓದುವುದಿಲ್ಲ. ಆತ ಓದಿದರೂ ಅನ್ಯಾಯ ಅನಿಸಬಾರದು, ಅದು ನನ್ನ ಅಳತೆ. ಆಕೆಗೆ ಕಳಿಸಿದ್ದರಲ್ಲಿ ಮುಖ್ಯ ಭಾಗ ಇದು:

‘ಇಬ್ಬರ ನಡುವೆ ಒಲವು ಇದೆ ಎಂದು ಸಾಕಷ್ಟು ಧೈರ್ಯದಿಂದ ಹೇಳುತ್ತೇನೆ, ಏಕೆಂದರೆ ಎಲೆಯೂ ನಿಮ್ಮ ಪತ್ರವೂ ಅದನ್ನೇ ಹೇಳುತ್ತವೆ. ಅವರು ಒಂದು ಮಾತನ್ನು ತಪ್ಪಿಸುತ್ತಿರುವ ಹಾಗೆ ಕಾಣುತ್ತದೆ, ಆದರೆ ಯಾವ ಮಾತು, ಯಾರ ಹತ್ತಿರ ಎಂಬುದು ನನಗೆ ಗೊತ್ತಿಲ್ಲ. ಇದನ್ನು ಮೋಸ ಎಂದು ಕರೆಯಲು ಈ ಎಲೆಗಳಲ್ಲಿ ಆಧಾರ ಇಲ್ಲ, ಮೋಸ ಇಲ್ಲವೇ ಇಲ್ಲ ಎನ್ನಲೂ ಆಧಾರ ಇಲ್ಲ. ಹೀಗೇ ಕಾಯುತ್ತಾ ಹೋದರೆ ಒಬ್ಬರಿಗೆ ಸಾಕಾಗಬಹುದು, ಆ ಒಬ್ಬರು ನೀವೂ ಆಗಿರಬಹುದು.

‘ಅರ್ಜಿಯ ವಿಷಯ. ಅವರು ಇಲ್ಲದಿದ್ದರೂ ನಿಮಗೆ ಚಿಕ್ಕಮಗಳೂರು ಬೇಕಾ? ಬೇಕು ಅನಿಸಿದರೆ ಹಾಕಿ. ಅವರಿಗಾಗಿ ಮಾತ್ರ ಆದರೆ, ಅವರು ಮನೆಯಲ್ಲಿ ನಿಮ್ಮ ವಿಷಯ ಹೇಳುವ ತನಕ ತಡೆಯಿರಿ. “ನನ್ನ ಮೇಲೆ ಪ್ರೀತಿ ಇದೆಯಾ” ಎಂದು ಕೇಳಬೇಡಿ, ಅದಕ್ಕೆ ಹೌದು ಎಂಬ ಉತ್ತರವೇ ಬರುತ್ತದೆ. “ನಿಮ್ಮ ಅಣ್ಣನಿಗೆ ನನ್ನ ವಿಷಯ ಗೊತ್ತಾ? ಯಾವಾಗ ಹೇಳ್ತೀರಾ?” ಎಂದು ಕೇಳಿ. ಫೋನಿನಲ್ಲಿ ಬೇಡ, ಎದುರಿಗೇ. ಕುಯ್ಲಿನ ಗಡಿಬಿಡಿ ಅಂದರೆ ಒಂದು ತಾರೀಕು ಕೇಳಿ ಇಟ್ಟುಕೊಳ್ಳಿ. ಅವರು ನಿಧಾನಸ್ಥರಾದರೆ ತಾರೀಕು ಕೊಡುತ್ತಾರೆ. ನುಣುಚುವವರಾದರೆ ತಾರೀಕೂ ಜಾರುತ್ತದೆ. ಎಲೆ ಹೇಳಲಾಗದ್ದು ಇದರಿಂದ ತಿಳಿಯುತ್ತದೆ.’

ಈ ಸಲಹೆಯನ್ನು ಆರಿಸಿದ್ದಕ್ಕೆ ಕಾರಣ ಇದೆ. ನನ್ನ ಓದು ಯಾವ ಕಡೆಗೆ ತಪ್ಪಾಗಿದ್ದರೂ ಇದರಿಂದ ಆಕೆಗೆ ನಷ್ಟ ಇಲ್ಲ. ‘ಬಿಟ್ಟುಬಿಡಿ’ ಎಂದಿದ್ದರೆ, ಆತ ಒಳ್ಳೆಯವನಾಗಿದ್ದ ಪಕ್ಷದಲ್ಲಿ ನಾಲ್ಕು ವರ್ಷ ಹೋಯಿತು. ‘ನಂಬಿ ಅರ್ಜಿ ಹಾಕಿ’ ಎಂದಿದ್ದರೆ, ಇನ್ನೊಂದು ಪಕ್ಷದಲ್ಲಿ ಊರೂ ಹೋಯಿತು. ಪತ್ರದಲ್ಲಿ ಹೊಡೆತ, ಬೆದರಿಕೆಯ ಒಂದು ಮಾತು ಇದ್ದಿದ್ದರೂ ನಾನು ಎಲೆ ಹಾಕುತ್ತಲೇ ಇರಲಿಲ್ಲ. 181 ಮಹಿಳಾ ಸಹಾಯವಾಣಿಯ ನಂಬರ್ ಕೊಡುತ್ತಿದ್ದೆ.

ಅಂದಹಾಗೆ, ನಾನು ಬಳಸುವ ಈ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್, ಕಟ್ಟು ಲಂಡನ್‌ನಲ್ಲಿ ಬಂದದ್ದು 1909 ರಲ್ಲಿ. ಅದಕ್ಕೆ ಮುಂಚಿನ ಹೆಚ್ಚಿನ ಕಟ್ಟುಗಳಲ್ಲಿ ಏಯ್ಟ್ ಆಫ್ ಕಪ್ಸ್ ಎಲೆಯಲ್ಲಿ ಎಂಟು ಬಟ್ಟಲು ಮಾತ್ರ, ನಮ್ಮ ಇಸ್ಪೀಟಿನ ಎಂಟರ ಹಾಗೆ. ನಡೆದು ಹೋಗುವ ಮನುಷ್ಯ ಇರಲಿಲ್ಲ. ಆ ಮನುಷ್ಯನ ಮುಖ ಕಾಣದ ಹಾಗೆ ಆಕೆ ಯಾಕೆ ಬರೆದರೋ!

ಜನವರಿಯಲ್ಲಿ ಮತ್ತೆ ಪತ್ರ ಬಂತು. ಆತ ತಾರೀಕು ಕೊಟ್ಟರಂತೆ. ಒಂದು ವಾರ ತಡವಾಗಿ ಅಣ್ಣನಿಗೆ ಹೇಳಿದರಂತೆ. ಅಣ್ಣ ಇನ್ನೂ ಏನೂ ಅಂದಿಲ್ಲ. ಅರ್ಜಿ ಹಾಕಿಲ್ಲ. ಇನ್ನೊಂದು ಸಲ ಎಲೆ ಹಾಕಿ ಎಂದು ಕೇಳಿದ್ದರು. ಅಣ್ಣನ ಮಾತು ಬರುವ ತನಕ ಬೇಡ, ಹಾಕಿದರೆ ಇದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದಂತೆ ಎಂದು ಬರೆದೆ. ಕೊನೆಯಲ್ಲಿ ಇನ್ನೊಂದು ಕೇಳಿದ್ದರು: ‘ಆ ಬೆನ್ನು ಹಾಕಿ ಹೋಗೋರು ನಾನಾ, ಅವ್ರಾ?’

ಈಗಲೂ ಗೊತ್ತಿಲ್ಲಮ್ಮ ಎಂದು ಉತ್ತರ ಬರೆದೆ.