ಸ್ಟ್ರೆಸ್, ಎನರ್ಜಿ, ಚರ್ಮದ ಬಿಸಿ: ವಾಚ್ ನಿಜವಾಗಿ ಅಳೆಯೋದು ಏನನ್ನ?

ನಮ್ಮ ಅತ್ತಿಗೆ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಕಳೆದ ವರ್ಷ ಮಗ ಅವರಿಗೊಂದು ಸ್ಮಾರ್ಟ್ ವಾಚ್ ಕೊಡಿಸಿದ. ಒಂದು ಭಾನುವಾರ ಬೆಳಿಗ್ಗೆ ಗಾಬರಿಯಿಂದ ಫೋನ್ ಮಾಡಿದರು. "ನಿನ್ನೆ ಆರತಕ್ಷತೆಗೆ ಹೋಗಿದ್ದೆ, ಎಲ್ಲರೂ ಸಿಕ್ಕಿದ್ರು, ತುಂಬಾ ಖುಷಿಯಾಗಿದ್ದೆ. ರಾತ್ರಿ ಏಳು ಗಂಟೆ ನಿದ್ದೇನೂ ಮಾಡಿದೀನಿ. ಆದ್ರೆ ಇದು ರಾತ್ರಿಯೆಲ್ಲಾ ಸ್ಟ್ರೆಸ್ ಇತ್ತು ಅಂತಿದೆ. ಎನರ್ಜಿ 41 ಅಂತೆ. ನಂಗೇನಾದ್ರೂ ಆಗಿದೆಯಾ?"

ಅವರಿಗೆ ಏನೂ ಆಗಿರಲಿಲ್ಲ. ರಾತ್ರಿ ಹತ್ತೂವರೆಗೆ ಊಟ ಮಾಡಿ ಹನ್ನೊಂದೂವರೆಗೆ ಮಲಗಿದ್ದರು, ಅಷ್ಟೇ. ಊಟಕ್ಕೂ ಸ್ಟ್ರೆಸ್ಸಿಗೂ ಏನು ಸಂಬಂಧ ಅಂತ ಕೇಳಿದರು. ಅದನ್ನು ಹೇಳಬೇಕಾದರೆ ಈ ಅಂಕಿಗಳು ಎಲ್ಲಿಂದ ಬಂದವು ಅನ್ನೋದರಿಂದ ಶುರು ಮಾಡಬೇಕು.

ಹಳೆಯ ಕಥೆ ಚಿಕ್ಕದಾಗಿ ಹೇಳುತ್ತೇನೆ. 1930ರ ದಶಕದಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ, ಚಳಿ, ಗಾಯ, ವಿಷ ಯಾವುದೇ ಇರಲಿ, ದೇಹ ಒಂದೇ ರೀತಿ ಪ್ರತಿಕ್ರಿಯಿಸುತ್ತದೆ ಅಂದರು. ಅದಕ್ಕೆ ಸ್ಟ್ರೆಸ್ ಎಂಬ ಹೆಸರು ಅಂಟಿಕೊಂಡಿತು. ಅದೇ ದಶಕದಲ್ಲಿ, ಚರ್ಮದ ಮೇಲೆ ಬೆಳಕು ಬಿಟ್ಟು ರಕ್ತದ ಹರಿವನ್ನು ನೋಡಬಹುದು ಎಂದು ಆಲ್ರಿಕ್ ಹರ್ಟ್ಸ್‌ಮನ್ ತೋರಿಸಿದರು. ವಾಚ್ ಬಡಿತ ಹಿಡಿಯುವುದೂ ಹೀಗೆಯೇ. 1963ರಲ್ಲಿ ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ಗಮನಿಸುತ್ತಿದ್ದ ವೈದ್ಯರಿಗೆ ಒಂದು ಸಂಗತಿ ಕಂಡಿತು. ಮಗುವಿಗೆ ತೊಂದರೆಯಾದಾಗ ಬಡಿತದ ವೇಗ ಬದಲಾಗುವ ಮೊದಲೇ, ಒಂದು ಬಡಿತಕ್ಕೂ ಇನ್ನೊಂದಕ್ಕೂ ಇರುವ ಅಂತರದ ಏರಿಳಿತ ಬದಲಾಗುತ್ತಿತ್ತು. 1996ರಲ್ಲಿ ಯುರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರು ಆ ಏರಿಳಿತವನ್ನು ಅಳೆಯುವ ನಿಯಮಗಳನ್ನು ಬರೆದಿಟ್ಟರು. ವಾಚಿನಲ್ಲಿ ಈಗ ಎಚ್‌ಆರ್‌ವಿ ಅಂತ ಕಾಣುವುದು ಇದೇ.

ಇದೊಂದನ್ನು ಹತ್ತಿರದಿಂದ ನೋಡಿದರೆ ಉಳಿದದ್ದು ಸುಲಭ. ನಿಮಿಷಕ್ಕೆ 60 ಬಡಿತ ಅಂದರೆ ಸೆಕೆಂಡಿಗೆ ಸರಿಯಾಗಿ ಒಂದು ಅಂತ ಅಲ್ಲ. ನಾಲ್ಕು ಅಂತರಗಳು ಹೀಗಿವೆ ಅಂದುಕೊಳ್ಳಿ: 1000, 960, 1020, 990 ಮಿಲಿಸೆಕೆಂಡ್. ಒಂದಕ್ಕೂ ಮುಂದಿನದಕ್ಕೂ ವ್ಯತ್ಯಾಸ 40, 60, 30. ಇವುಗಳ ವರ್ಗ 1600, 3600, 900. ಸರಾಸರಿ ಸುಮಾರು 2033, ಅದರ ವರ್ಗಮೂಲ ಸುಮಾರು 45. ಹಲವು ವಾಚುಗಳಲ್ಲಿ ಎಚ್‌ಆರ್‌ವಿ 45 ಮಿಲಿಸೆಕೆಂಡ್ ಅಂದರೆ ಇಷ್ಟೇ. ಅತ್ತಿಗೆ ಇದನ್ನು ಪೆನ್ನು ಹಿಡಿದು ಮಾಡಿ ನೋಡಿದ ಮೇಲೇ ಸಮಾಧಾನವಾದದ್ದು.

ದೇಹ ಆರಾಮವಾಗಿದ್ದಾಗ ವೇಗಸ್ ಎಂಬ ನರ ಎದೆಯ ಬಡಿತಕ್ಕೆ ಆಗಾಗ ಮೆಲ್ಲಗೆ ಬ್ರೇಕ್ ಹಾಕುತ್ತದೆ, ಬಿಡುತ್ತದೆ. ಅದಕ್ಕೇ ಅಂತರ ಹೆಚ್ಚು ಕಡಿಮೆ ಆಗುತ್ತದೆ. ದೇಹಕ್ಕೆ ಕೆಲಸ ಬಿದ್ದಾಗ ಆ ಬ್ರೇಕ್ ಸಡಿಲವಾಗುತ್ತದೆ. ಬಡಿತ ಜಾಸ್ತಿಯಾಗುತ್ತದೆ, ಅಂತರಗಳು ಸಮಸಮ ಆಗುತ್ತವೆ. ಆ ಕೆಲಸ ಸಿಟ್ಟೋ, ಜ್ವರವೋ, ಹೋಳಿಗೆ ಜೀರ್ಣಿಸೋದೋ ಅನ್ನೋದು ಬಡಿತದಲ್ಲಿ ಬರೆದಿರುವುದಿಲ್ಲ.

ಈಗ ನಾನು ಚೆನ್ನಾಗಿ ಬಲ್ಲ ಘಟ್ಟಕ್ಕೆ ಬರುತ್ತೇನೆ. ಫಿನ್ಲೆಂಡಿನ ಯುವಸ್ಕೂಲಾ ಎಂಬ ಊರಲ್ಲಿ 2002ರಲ್ಲಿ ಫಸ್ಟ್‌ಬೀಟ್ ಎಂಬ ಕಂಪನಿ ಶುರುವಾಯಿತು. ಮೊದಲ ಕೆಲಸ ಕ್ರೀಡಾಪಟುಗಳ ಬಡಿತ ನೋಡಿ ದಣಿವು ಎಷ್ಟು, ಚೇತರಿಕೆ ಎಷ್ಟು ಅಂತ ಹೇಳುವುದು. ಆಮೇಲೆ ಅದೇ ವಿದ್ಯೆ ಕಚೇರಿಗಳಲ್ಲಿ ಕೆಲಸ ಮಾಡುವವರಿಗೂ ಬಂತು. ಎದೆಗೆ ಒಂದು ಸಣ್ಣ ಯಂತ್ರ ಅಂಟಿಸಿಕೊಂಡು ಕೆಲವು ದಿನ ಇರಬೇಕು. ಜೊತೆಗೆ ಡೈರಿ ಬರೆಯಬೇಕು: ಎಷ್ಟು ಹೊತ್ತಿಗೆ ಮಲಗಿದೆ, ಯಾವಾಗ ಮೀಟಿಂಗ್, ರಾತ್ರಿ ಕುಡಿದೆನಾ ಇತ್ಯಾದಿ. ಕೊನೆಗೆ ಕೆಂಪು ಹಸಿರು ಬಣ್ಣದ ಪಟ್ಟಿ ಬರುತ್ತಿತ್ತು. ಅದನ್ನು ಡೈರಿ ಪಕ್ಕದಲ್ಲಿಟ್ಟುಕೊಂಡು, ತಿಳಿದವರೊಬ್ಬರು ಕೂತು ವಿವರಿಸುತ್ತಿದ್ದರು.

2017ರ ಹೊತ್ತಿಗೆ ಈ ಲೆಕ್ಕ ಗಾರ್ಮಿನ್ ಕಂಪನಿಯ, ಕೈಗೆ ಕಟ್ಟುವ ಪಟ್ಟಿಗಳಲ್ಲಿ ದಿನವಿಡೀ ತೋರಿಸುವ ಸ್ಟ್ರೆಸ್ ಅಂಕಿಯಾಗಿ ಕೈಗೆ ಬಂತು. 0ರಿಂದ 25 ವಿಶ್ರಾಂತಿ, 26ರಿಂದ 50 ಕಡಿಮೆ, 51ರಿಂದ 75 ಮಧ್ಯಮ, ಅದಕ್ಕಿಂತ ಮೇಲೆ ಹೆಚ್ಚು. 2018ರಲ್ಲಿ ಅದರ ಮೇಲೆ ಬಾಡಿ ಬ್ಯಾಟರಿ ಎಂಬ ಎನರ್ಜಿ ಅಂಕಿ ಬಂತು. 2020ರಲ್ಲಿ ಗಾರ್ಮಿನ್, ಫಸ್ಟ್‌ಬೀಟಿನಲ್ಲಿ ವಾಚುಗಳ ಲೆಕ್ಕ ನೋಡಿಕೊಳ್ಳುತ್ತಿದ್ದ ಭಾಗವನ್ನೇ ಕೊಂಡುಕೊಂಡಿತು. 2024ರಲ್ಲಿ ಸ್ಯಾಮ್ಸಂಗ್ ಎನರ್ಜಿ ಸ್ಕೋರ್ ತಂದಿತು. ಹೆಸರು ಬೇರೆ, ಲೆಕ್ಕದ ವಿವರ ಬೇರೆ, ಯೋಚನೆ ಹತ್ತಿರಹತ್ತಿರ ಅದೇ. ಆದರೆ ಎದೆಯಿಂದ ಕೈಗೆ ಬರುವ ದಾರಿಯಲ್ಲಿ ಆ ಡೈರಿ ಬಿದ್ದುಹೋಯಿತು. ಪಕ್ಕದಲ್ಲಿ ಕೂತು ವಿವರಿಸುವವರೂ ಇಲ್ಲವಾದರು. ಬಡಿತ ಹೇಳಲಾರದ ಕಾರಣವನ್ನು ಹೇಳುತ್ತಿದ್ದದ್ದೇ ಆ ಡೈರಿ. ಈಗ ಉಳಿದದ್ದು ಸ್ಟ್ರೆಸ್ ಎಂಬ ಪದ ಮಾತ್ರ. ಅದನ್ನು ಓದಿದ ಯಾರಿಗಾದರೂ ಮೊದಲು ನೆನಪಾಗುವುದು ಮನಸ್ಸಿನ ಚಿಂತೆಯೇ ಅಲ್ವಾ? "ದೇಹ ಕೆಲಸದಲ್ಲಿದೆ" ಅಂತ ಬರೆದಿದ್ದರೆ ಅತ್ತಿಗೆ ಆ ಬೆಳಿಗ್ಗೆ ಗಾಬರಿಯಾಗುತ್ತಿರಲಿಲ್ಲ ಅನ್ನೋದು ನನ್ನ ಅನಿಸಿಕೆ.

ಬಾಡಿ ಬ್ಯಾಟರಿಯ ವಿಷಯದಲ್ಲಿ ಇನ್ನೊಂದು ಮಾತು ತಿಳಿದಿರಬೇಕು. ಅದು ಬೇರೆ ಸೆನ್ಸರಿನಿಂದ ಬರುವ ಅಂಕಿ ಅಲ್ಲ. ಸ್ಟ್ರೆಸ್ ಕಡಿಮೆಯಿರುವ ನಿಮಿಷಗಳಲ್ಲಿ ತುಂಬುತ್ತದೆ, ಜಾಸ್ತಿಯಿದ್ದಾಗ ಮತ್ತು ಓಡಾಡಿದಾಗ ಇಳಿಯುತ್ತದೆ. ಹಾಗಾಗಿ "ಸ್ಟ್ರೆಸ್ಸೂ ಜಾಸ್ತಿ, ಎನರ್ಜಿಯೂ ಕಡಿಮೆ" ಅಂತ ಎರಡು ಕೆಟ್ಟ ಸುದ್ದಿ ಬಂದಂತೆ ಕಂಡರೂ, ಅದು ಒಂದೇ ಸುದ್ದಿ, ಎರಡು ಸಲ. ಅತ್ತಿಗೆಯ ವಿಷಯದಲ್ಲಿ ಆದದ್ದೂ ಅದೇ. ತಡವಾಗಿ ಹೊಟ್ಟೆತುಂಬ ಉಂಡಾಗ ನಿದ್ದೆಯ ಮೊದಲ ಕೆಲವು ಗಂಟೆ ಬಡಿತ ಇಳಿಯುವುದಿಲ್ಲ. ವಾಚ್ ಅದನ್ನು ಸ್ಟ್ರೆಸ್ ಅಂತ ಬರೆಯಿತು. ಸ್ಟ್ರೆಸ್ ಇದ್ದುದರಿಂದ ಬ್ಯಾಟರಿ ತುಂಬಲಿಲ್ಲ. ಮದ್ಯ ಕುಡಿದ ರಾತ್ರಿ ಇದಕ್ಕಿಂತ ಜೋರಾಗಿ ಕಾಣುತ್ತದೆ.

ಹಗಲಿನ ಸ್ಟ್ರೆಸ್ ಅಂಕಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಕಾಫಿ ಕುಡಿದರೆ ಏರುತ್ತದೆ, ಎದ್ದು ನಿಂತರೆ ಏರುತ್ತದೆ, ಕ್ರಿಕೆಟ್ಟಿನ ಕೊನೆ ಓವರಿಗೂ ಏರುತ್ತದೆ. ನಡೆಯುತ್ತಿದ್ದರೆ ವಾಚ್ ಅಳೆಯುವುದನ್ನೇ ಬಿಟ್ಟು ಖಾಲಿ ಜಾಗ ತೋರಿಸುತ್ತದೆ. ಕೈ ಅಲುಗಾಡುವಾಗ ಬೆಳಕಿನಿಂದ ಬಡಿತದ ಅಂತರವನ್ನು ನಿಖರವಾಗಿ ಹಿಡಿಯಲು ಆಗದು. ನಂಬಬಹುದಾದದ್ದು ನಿದ್ದೆಯ ಹೊತ್ತಿನ ಅಂಕಿ. ಆಗ ದೇಹ ಮಲಗಿರುತ್ತದೆ, ಕೈ ಸುಮ್ನೆ ಇರುತ್ತದೆ, ದಿನದಿನಕ್ಕೂ ಸ್ಥಿತಿ ಹೆಚ್ಚು ಬದಲಾಗುವುದಿಲ್ಲ. ಒಂದು ಎಚ್ಚರಿಕೆ: ಎದೆಬಡಿತ ಆಗಾಗ ತಪ್ಪುವವರಲ್ಲಿ ಎಚ್‌ಆರ್‌ವಿ ಸುಳ್ಳಾಗಿ ಜಾಸ್ತಿ ಕಾಣಬಹುದು. ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರ ಬಡಿತವನ್ನು ಮಾತ್ರೆಯೇ ಹಿಡಿದಿಟ್ಟಿರುತ್ತದೆ.

ಹೊಸ ಸುದ್ದಿ ಹೇಳಬಲ್ಲ ಎರಡನೆಯ ಸಾಕ್ಷಿ ಚರ್ಮದ ಬಿಸಿ. 2020ರಲ್ಲಿ ಫಿಟ್‌ಬಿಟ್ ಸೆನ್ಸ್, 2022ರಲ್ಲಿ ಆಪಲ್ ವಾಚ್ ಸೀರೀಸ್ 8, ಗ್ಯಾಲಕ್ಸಿ ವಾಚ್ 5 ಬಂದ ಮೇಲೆ ಇದು ಜನರ ಕೈಗೆ ಸಿಕ್ಕಿತು. ಆಪಲ್ ವಾಚ್ ನಿದ್ದೆಯಲ್ಲಿ 5 ಸೆಕೆಂಡಿಗೊಮ್ಮೆ ಅಳೆಯುತ್ತದೆ. ಸುಮಾರು 5 ರಾತ್ರಿ ನೋಡಿ "ನಿಮ್ಮ ಮಾಮೂಲು" ಎಷ್ಟು ಅಂತ ಗೊತ್ತುಮಾಡಿಕೊಂಡು, ಆಮೇಲೆ ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ತೋರಿಸುತ್ತದೆ.

ಇದು ಜ್ವರದ ಥರ್ಮಾಮೀಟರ್ ಅಲ್ಲ. ನಿದ್ದೆ ಬರುವಾಗ ದೇಹ ಒಳಗಿನ ಬಿಸಿಯನ್ನು ಕೈಕಾಲಿನ ಕಡೆಗೆ ಬಿಡುತ್ತದೆ. ಹಾಗಾಗಿ ಒಳಗೆ ತಣ್ಣಗಾಗುತ್ತಿರುವಾಗಲೇ ಮಣಿಕಟ್ಟು ಬೆಚ್ಚಗಾಗುತ್ತದೆ. ಚಳಿಜ್ವರ ಏರುವಾಗ ಇದು ತಿರುವುಮುರುವು: ಒಳಗೆ ಜ್ವರ ಏರುತ್ತಿರುತ್ತದೆ, ಕೈ ಮಾತ್ರ ತಣ್ಣಗಿರುತ್ತದೆ. ಮೈ ನಡುಗುತ್ತಿರುವಾಗ ವಾಚ್ ಸರಿಯಾಗಿದೆ ಅಂದಿತು ಅಂತ ಕೂತರೆ ಅಪಾಯ. ಹೆಂಗಸರಲ್ಲಿ ಮುಟ್ಟಿನ ಚಕ್ರದ ಎರಡನೆಯ ಅರ್ಧದಲ್ಲಿ ಬಿಸಿ ಸಾಮಾನ್ಯವಾಗಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿ, ಮುಟ್ಟು ಬರುವ ಹೊತ್ತಿಗೆ ಇಳಿಯುತ್ತದೆ. ಅದು ಕಾಯಿಲೆ ಅಲ್ಲ. ಕೈ ದಿಂಬಿನ ಕೆಳಗಿದ್ದರೂ, ಏಪ್ರಿಲ್ಲಿನಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೂ ಅಂಕಿ ಏರುತ್ತದೆ. ಪಟ್ಟಿ ಸಡಿಲವಿದ್ದರೆ ಇಳಿಯುತ್ತದೆ.

ಆ ಫೋನ್ ಆದಮೇಲೆ ಅತ್ತಿಗೆ ಒಂದು ನೋಟ್‌ಬುಕ್ ಇಟ್ಟರು. ನಾಲ್ಕು ಕಾಲಂ: ನಿದ್ದೆಯಲ್ಲಿನ ಬಡಿತ, ಎಚ್‌ಆರ್‌ವಿ, ಚರ್ಮದ ಬಿಸಿಯ ವ್ಯತ್ಯಾಸ, ಕೊನೆಗೆ "ಏನಾಯ್ತು". ಮೊದಲ ಮೂರು ವಾರ ಸುಮ್ನೆ ಬರೆದರು. ಬಡಿತ 61ರಿಂದ 64, ಎಚ್‌ಆರ್‌ವಿ 38ರಿಂದ 45, ಬಿಸಿ ಮಾಮೂಲಿಗಿಂತ 0.3 ಆಚೆ ಈಚೆ. ಇದು ಅವರ ಮಾಮೂಲು. ನಮ್ಮಣ್ಣನದು ಬೇರೆ, ನನ್ನದು ಬೇರೆ. ವಯಸ್ಸಾದಂತೆ ಎಚ್‌ಆರ್‌ವಿ ಇಳಿಯುವುದು ಸಹಜ. ಒಬ್ಬರ ಅಂಕಿಯನ್ನು ಇನ್ನೊಬ್ಬರದಕ್ಕೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಆಗಸ್ಟಿನ ಒಂದು ಮಂಗಳವಾರ ಬಿಸಿ 0.6 ಮೇಲೆ. ಬಡಿತ 62, ಎಚ್‌ಆರ್‌ವಿ 41. ಕೊನೆ ಕಾಲಮ್ಮಿನಲ್ಲಿ "ರಾತ್ರಿ ಕರೆಂಟ್ ಇಲ್ಲ". ಬುಧವಾರ ಎಲ್ಲವೂ ಮಾಮೂಲು. ಗುರುವಾರ ಬಿಸಿ 0.9 ಮೇಲೆ, ಬಡಿತ 70, ಎಚ್‌ಆರ್‌ವಿ 27. ಅವತ್ತು ಕರೆಂಟೂ ಇತ್ತು, ಊಟವೂ ಎಂಟಕ್ಕೇ ಆಗಿತ್ತು. ಕಾಲಂ ಖಾಲಿ. ಶುಕ್ರವಾರ ಬೆಳಿಗ್ಗೆ 1.1, 73, 24. ಅತ್ತಿಗೆಗೆ ಮೈ ಸ್ವಲ್ಪ ಭಾರ ಅನ್ನಿಸಿತ್ತು, ಅಷ್ಟೇ. ಮಧ್ಯಾಹ್ನ ಗಂಟಲು ನೋವು, ಸಂಜೆ ಥರ್ಮಾಮೀಟರಿನಲ್ಲಿ 101.2 ಜ್ವರ. ಡಾಕ್ಟರ ಹತ್ತಿರ ಹೋದರು. ಅವರು ವಾಚನ್ನಲ್ಲ, ಗಂಟಲನ್ನು ನೋಡಿ ಮಾತ್ರೆ ಬರೆದರು. ಅದೇ ಸರಿ.

ಮಂಗಳವಾರಕ್ಕೂ ಗುರುವಾರಕ್ಕೂ ಇರುವ ವ್ಯತ್ಯಾಸ ನೋಡಿ. ಬಿಸಿ ಒಂದೇ ಏರಿದರೆ ಕಾರಣವನ್ನು ಹೆಚ್ಚಾಗಿ ಕೋಣೆಯಲ್ಲೇ ಹುಡುಕಬೇಕು. ಬಡಿತವೂ ಎಚ್‌ಆರ್‌ವಿಯೂ ಅದರ ಜೊತೆಗೇ ಸರಿದರೆ, ಎರಡು ರಾತ್ರಿ ಹಾಗೇ ಇದ್ದರೆ, ಡೈರಿಯಲ್ಲೂ ಕಾರಣ ಸಿಗದಿದ್ದರೆ, ಆಗ ದೇಹದ ಕಡೆ ಗಮನ ಕೊಡಬೇಕು. ಬಿಸಿ ಏರದೆ ಬಡಿತ ಮಾತ್ರ ಏರಿ, ಎಚ್‌ಆರ್‌ವಿ ಇಳಿದರೆ, ಊಟ, ನಿದ್ದೆ, ಕೆಲಸದ ಕಡೆ ನೋಡಬೇಕು. ಉತ್ತರ ಪತ್ರಿಕೆ ತಿದ್ದುವ ವಾರದಲ್ಲಿ ಅತ್ತಿಗೆಗೆ ಹಾಗೇ ಬಂತು, ಐದು ದಿನ ಸಾಲಾಗಿ. ಇದು ತಪ್ಪದ ನಿಯಮವೇನೂ ಅಲ್ಲ. ಅಕ್ಟೋಬರಿನಲ್ಲಿ ಬಂದ ನೆಗಡಿಗೆ ಯಾವ ಅಂಕಿಯೂ ಮುಂಚೆ ಅಲುಗಲಿಲ್ಲ.

ಜ್ವರ ಸೋಮವಾರಕ್ಕೆ ಬಿಟ್ಟಿತ್ತು. ಬಿಸಿ ಮರುದಿನವೇ ಮಾಮೂಲಿಗೆ ಬಂತು. ಬಡಿತ 64ಕ್ಕೆ ಬರಲು ಐದು ದಿನ ಬೇಕಾಯಿತು. ಎಚ್‌ಆರ್‌ವಿ 38 ದಾಟಿದ್ದು ಹನ್ನೊಂದನೇ ದಿನ. ಅಲ್ಲಿಯವರೆಗೆ ವಾಚ್ ದಿನಾ ಎನರ್ಜಿ ಕಡಿಮೆ ಅನ್ನುತ್ತಿತ್ತು. ಅತ್ತಿಗೆ ಕೊನೆ ಕಾಲಮ್ಮಿನಲ್ಲಿ ದಿನಾ ಬರೆಯುತ್ತಿದ್ದದ್ದೂ ಅದನ್ನೇ: "ಮೆಟ್ಟಿಲು ಹತ್ತಿದ್ರೆ ಸುಸ್ತು." ಹನ್ನೊಂದನೇ ದಿನ ಆ ಸಾಲು ಇರಲಿಲ್ಲ.